ಕೀಬೋರ್ಡ್ ಕೆಟ್ಟಿದೆ, ಮೌಸ್ ಮಾತ್ರ ಇದೆ: ತೆರೆದ ಮೆನುವಿನ ಸ್ಕ್ರೀನ್‌ಶಾಟ್ ತೆಗೆಯೋದು ಹೇಗೆ?

ಬಿಳಿಮೋಡ

ಎಲ್ಲರಿಗೂ ನಮಸ್ಕಾರ. ಇದನ್ನು ಫೋನಿನಿಂದ ಬರೆಯುತ್ತಿದ್ದೇನೆ. ನನ್ನ ಲ್ಯಾಪ್‌ಟಾಪ್ ಕೀಬೋರ್ಡ್ ಮೇಲೆ ನೀರು ಚೆಲ್ಲಿ ನಾಲ್ಕು ದಿನ ಆಯ್ತು. ಅರ್ಧಕ್ಕರ್ಧ ಕೀಗಳು ಕೆಲಸ ಮಾಡುತ್ತಿಲ್ಲ, PrtScn ಅಂತೂ ಸತ್ತೇ ಹೋಗಿದೆ. ವಿಂಡೋಸ್ 11 ಇದೆ, ಮೌಸ್ ಚೆನ್ನಾಗಿದೆ. ಬೇರೆ ಕೀಬೋರ್ಡ್ ಸಿಗಲು ಇನ್ನೂ ಒಂದು ವಾರ ಬೇಕು.

ಈಗ ತೊಂದರೆ ಏನೆಂದರೆ, ನಾನು ಬಳಸುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಒಂದು ಆಯ್ಕೆ ಮಂಕಾಗಿ ಕೂತಿದೆ, ಒತ್ತಲು ಬರುತ್ತಿಲ್ಲ. ಸಹಾಯ ಮಾಡುವವರು "ಮೆನು ತೆರೆದಿರುವಾಗಿನ ಸ್ಕ್ರೀನ್‌ಶಾಟ್ ಕಳಿಸಿ" ಎಂದಿದ್ದಾರೆ. ಫೋನಿನಲ್ಲಿ ಫೋಟೋ ತೆಗೆದು ಕಳಿಸಿದೆ. ಪರದೆಯ ಮೇಲೆಲ್ಲ ಅಲೆ ಅಲೆಯಾಗಿ ಗೆರೆ ಬಂದು, ಮಂಕಾಗಿರುವುದು ಯಾವುದು, ಆಗದಿರುವುದು ಯಾವುದು ಗೊತ್ತಾಗಲ್ಲ ಎಂದರು.

Snipping Tool ತೆರೆದೆ. ಮೊದಲು ಮೆನು ತೆರೆದಿಟ್ಟು ಆಮೇಲೆ New ಒತ್ತಿದರೆ, ಒತ್ತಿದ ಕ್ಷಣವೇ ಮೆನು ಮುಚ್ಚಿಕೊಳ್ಳುತ್ತದೆ. ಇನ್ನೊಂದು ವಿಚಿತ್ರ: ಒಮ್ಮೊಮ್ಮೆ ಪರದೆ ಮಸುಕಾಗಿ, ನಾನು ಎಳೆದು ಗುರುತು ಮಾಡುವ ಮೊದಲೇ ತಾನಾಗೇ ಮಾಯವಾಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಕಡ್ಡಿಪುಡಿ

ಅಷ್ಟಕ್ಕೆ ಯಾಕೆ ತಲೆಕೆಡಿಸ್ಕೊಳ್ತೀರಿ? ಪರದೆ ಮೇಲೇ ಬರುವ ಕೀಬೋರ್ಡ್ ಇದೆಯಲ್ಲ. Settings ಒಳಗೆ Accessibility, ಅದರೊಳಗೆ Keyboard, ಅಲ್ಲಿ On-screen keyboard ಆನ್ ಮಾಡಿ. ಅದರ ಬಲಭಾಗದಲ್ಲಿ PrtScn ಇರುತ್ತದೆ. ಮೌಸಿನಲ್ಲಿ ಒತ್ತಿದರೆ ಮುಗೀತು.

ಬಿಳಿಮೋಡ

ಮಾಡಿ ನೋಡಿದೆ. ಅದರ ಕೀ ಒತ್ತಿದಾಗಲೂ ಮೆನು ಮುಚ್ಚಿತು. ಸಾಲದ್ದಕ್ಕೆ ಆ ಕೀಬೋರ್ಡೇ ಅರ್ಧ ಪರದೆ ತುಂಬಿಕೊಂಡಿದೆ, ಚಿತ್ರದಲ್ಲೂ ಬಂದಿದೆ.

ಹಳೆಹಲಗೆ

ಕಡ್ಡಿಪುಡಿ ಹೇಳಿದ್ದು ಮಾಮೂಲಿ ಪರದೆಗೆ ಸರಿ. ತೆರೆದ ಮೆನುವಿಗೆ ಆಗುವುದಿಲ್ಲ. ಮೆನು ತೆರೆದಿರುವಾಗ ಅದರ ಹೊರಗೆ ಎಲ್ಲಿ ಕ್ಲಿಕ್ ಮಾಡಿದರೂ "ಇವರಿಗೆ ಮೆನು ಬೇಡ" ಎಂದೇ ವಿಂಡೋಸ್ ತಿಳಿದುಕೊಳ್ಳುತ್ತದೆ. ಆ ಕ್ಲಿಕ್ ಬಿದ್ದದ್ದು New ಮೇಲೋ, ಪರದೆಯ ಕೀಬೋರ್ಡ್ ಮೇಲೋ, ಅದಕ್ಕೆ ಎಲ್ಲಾ ಒಂದೇ. ನಿಜವಾದ ಕೀ ಒತ್ತಿದಾಗ ಕ್ಲಿಕ್ ಇರುವುದಿಲ್ಲ, ಅದಕ್ಕೇ ಅದು ಕೆಲಸ ಮಾಡುತ್ತಿತ್ತು.

ಹಾಗಾಗಿ ಕ್ರಮವನ್ನು ತಿರುಗಿಸಬೇಕು. ಚಿತ್ರ ತೆಗೆಯಲು ಮೊದಲು ಹೇಳಿ, ಮೆನುವನ್ನು ಆಮೇಲೆ ತೆರೆಯಿರಿ. ಇದಕ್ಕೇ Snipping Tool ಕಿಟಕಿಯಲ್ಲಿ ಗಡಿಯಾರದ ಗುರುತು ಇದೆ. ಅದನ್ನು ಒತ್ತಿದರೆ 3, 5, 10 ಸೆಕೆಂಡ್ ಎಂದು ತೋರಿಸುತ್ತದೆ. 5 ಆರಿಸಿ New ಒತ್ತಿ. ಆ 5 ಸೆಕೆಂಡ್ ನಿಮ್ಮದು. ಅಷ್ಟರೊಳಗೆ ಸಾಫ್ಟ್‌ವೇರಿಗೆ ಹೋಗಿ ಮೆನು ತೆರೆದು ಮೌಸನ್ನು ಅಲ್ಲಾಡಿಸದೆ ಇಟ್ಟುಕೊಳ್ಳಿ. ಸಮಯ ಮುಗಿದಾಗ ಪರದೆ ಇದ್ದ ಹಾಗೆಯೇ ಚಿತ್ರವಾಗುತ್ತದೆ.

ಆದರೆ ನೀವು ಕೊನೆಯಲ್ಲಿ ಬರೆದ ಮಾತು ನನಗೆ ಜಾಸ್ತಿ ಮುಖ್ಯ ಅನಿಸ್ತು. ಮಸುಕಾದ ಪರದೆ ತಾನಾಗೇ ಮಾಯವಾಗುವುದು Esc ಒತ್ತಿದಾಗ. ನೀವು ಒತ್ತುತ್ತಿಲ್ಲ, ನೀರು ಕುಡಿದ ಕೀಬೋರ್ಡ್ ಒತ್ತುತ್ತಿರಬಹುದು. ಒಂದು ಸಣ್ಣ ಪರೀಕ್ಷೆ ಮಾಡಿ. ಡೆಸ್ಕ್‌ಟಾಪ್ ಮೇಲೆ ಬಲ ಕ್ಲಿಕ್ ಮಾಡಿ, ಮೆನು ಬಂದ ಮೇಲೆ ಮೌಸಿನಿಂದ ಕೈ ತೆಗೆದು ಒಂದು ನಿಮಿಷ ಸುಮ್ನೆ ನೋಡ್ತಾ ಕೂತ್ಕೊಳ್ಳಿ. ತಾನಾಗೇ ಮುಚ್ಚಿಕೊಂಡರೆ ಯಾವುದೋ ಕೀ ಒತ್ತಿಹೋಗುತ್ತಿದೆ ಎಂದರ್ಥ. ಜೊತೆಗೆ ಬ್ರೌಸರಿನಲ್ಲಿ ಮೌಸಿನ ಚಕ್ರ ತಿರುಗಿಸಿ. ಪುಟ ಮೇಲೆ ಕೆಳಗೆ ಹೋಗುವ ಬದಲು ಅಕ್ಷರ ದೊಡ್ಡದು ಚಿಕ್ಕದು ಆದರೆ Ctrl ಕೂಡ ಸಿಕ್ಕಿಹಾಕಿಕೊಂಡಿದೆ.

ಸಂಜೆಬಿಸಿಲು

ನನ್ನದೂ ಇದೇ ಸಮಸ್ಯೆ! ವಾಲ್ಯೂಮ್ ಬಟನ್ ಒಳಗೆ ಹೋಗಿ ಕೂತಿದೆ, ಪವರ್ ಜೊತೆ ಒತ್ತಿ ಸ್ಕ್ರೀನ್‌ಶಾಟ್ ತೆಗೆಯಲು ಆಗುತ್ತಿಲ್ಲ. ಈ ಗಡಿಯಾರದ ಗುರುತು ನನಗೆ ಎಲ್ಲೂ ಕಾಣಿಸ್ತಿಲ್ವಲ್ಲ?

ಹಳೆಹಲಗೆ

ನೀವು ಹೇಳುತ್ತಿರುವುದು ಫೋನ್ ಅಲ್ವಾ? ಇಲ್ಲಿ ಮಾತಾಡುತ್ತಿರುವುದು ಲ್ಯಾಪ್‌ಟಾಪ್ ಬಗ್ಗೆ. ಆದರೂ ಹೇಳಿಬಿಡುತ್ತೇನೆ. ಆಂಡ್ರಾಯ್ಡ್ ಆದರೆ Settings ಒಳಗೆ Accessibility ಗೆ ಹೋಗಿ Accessibility Menu ಹುಡುಕಿ. ಅದರ ಶಾರ್ಟ್‌ಕಟ್ ಆನ್ ಮಾಡಿದರೆ ಪರದೆಯ ಮೇಲೆ ಸಣ್ಣ ಬಟನ್ ಬರುತ್ತದೆ. ಅದನ್ನು ಮುಟ್ಟಿದರೆ ದೊಡ್ಡ ದೊಡ್ಡ ಚಿತ್ರಗಳ ಪಟ್ಟಿ, ಅದರಲ್ಲಿ Screenshot ಇರುತ್ತದೆ. ಐಫೋನ್ ಆದರೆ Accessibility, Touch, ಅದರೊಳಗೆ AssistiveTouch ಆನ್ ಮಾಡಿ. ತೇಲುವ ಚುಕ್ಕೆಯನ್ನು ಮುಟ್ಟಿ Device, ಆಮೇಲೆ More ಒಳಗೆ Screenshot.

ಸಂಜೆಬಿಸಿಲು

ಆಂಡ್ರಾಯ್ಡ್. ಬಂತು ಸರ್, ತುಂಬಾ ಥ್ಯಾಂಕ್ಸ್. ಆದರೆ ಬ್ಯಾಂಕಿನ ಆ್ಯಪ್‌ನಲ್ಲಿ ಮಾತ್ರ ಆಗುತ್ತಿಲ್ಲ, ಸ್ಕ್ರೀನ್‌ಶಾಟ್‌ಗೆ ಅನುಮತಿ ಇಲ್ಲ ಅನ್ನೋ ಥರ ಏನೋ ಬರುತ್ತಿದೆ.

ಹಳೆಹಲಗೆ

ಅದು ಬಟನ್ನಿನ ತೊಂದರೆ ಅಲ್ಲ. ಆ ಆ್ಯಪ್ ಮಾಡಿದವರೇ ತಡೆದಿದ್ದಾರೆ. ಬಟನ್ ಸರಿ ಇದ್ದಿದ್ದರೂ ಹಾಗೆಯೇ ಆಗುತ್ತಿತ್ತು.

ಬಿಳಿಮೋಡ

ಹಳೆಹಲಗೆ ಅವರೇ, ನೀವು ಹೇಳಿದ್ದು ಸರಿ. ಮೂರು ಸಲ ಪರೀಕ್ಷೆ ಮಾಡಿದೆ. ಬಲ ಕ್ಲಿಕ್ ಮೆನು ಒಮ್ಮೆ ಸುಮಾರು 20 ಸೆಕೆಂಡಿಗೆ, ಒಮ್ಮೆ 12ಕ್ಕೆ, ಇನ್ನೊಮ್ಮೆ ಅರ್ಧ ನಿಮಿಷ ಆದ ಮೇಲೆ ತಾನಾಗೇ ಮುಚ್ಚಿತು. ಚಕ್ರ ತಿರುಗಿಸಿದರೆ ಪುಟ ಸರಿಯಾಗಿಯೇ ಓಡುತ್ತದೆ.

5 ಸೆಕೆಂಡ್ ಇಟ್ಟೂ ನೋಡಿದೆ. ನಾನು ತೋರಿಸಬೇಕಾದ್ದು ಮೆನುವಿನ ಒಳಗಿನ ಮೆನು. ಅಲ್ಲಿಗೆ ಹೋಗುವಷ್ಟರಲ್ಲಿ ಸಮಯ ಮುಗಿಯಿತು. 10 ಇಟ್ಟೆ. ಅದರಲ್ಲಿ ಒಂದು ಸಲ ಮೆನು ಮುಚ್ಚಿಹೋಯಿತು. ಇನ್ನೊಂದು ಸಲ ಎಲ್ಲಾ ಸರಿಯಾಗಿ ಬಂದು, ಪರದೆ ಮಸುಕಾಗಿ, ಎಳೆಯಲು ಶುರು ಮಾಡಿದಾಗ ಮಾಯ.

ಕಡ್ಡಿಪುಡಿ

Device Manager ಗೆ ಹೋಗಿ ಹಾಳಾದ ಕೀಬೋರ್ಡನ್ನೇ Disable ಮಾಡಿಬಿಡಿ. Start ಮೇಲೆ ಬಲ ಕ್ಲಿಕ್ ಮಾಡಿದರೆ ಸಿಗುತ್ತದೆ.

ಹಳೆಹಲಗೆ

ಒಳ್ಳೆ ಯೋಚನೆಯೇ. ಆದರೆ ಲ್ಯಾಪ್‌ಟಾಪಿನ ಒಳಗಿನ ಕೀಬೋರ್ಡಿಗೆ ಬಹಳ ಸಲ ಆ Disable ಆಯ್ಕೆ ಇರುವುದೇ ಇಲ್ಲ. Uninstall ಇರುತ್ತದೆ, ಅದನ್ನು ಮಾಡಿದರೂ ಮತ್ತೆ ಆನ್ ಮಾಡಿದಾಗ ವಿಂಡೋಸ್ ತಾನೇ ವಾಪಸ್ ತಂದು ಕೂರಿಸುತ್ತದೆ. ಒಂದು ಚಿತ್ರಕ್ಕಾಗಿ ಅಷ್ಟು ದೂರ ಹೋಗುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಹೋಗುವುದೇ ಆದರೆ, ಲಾಗಿನ್ ಪರದೆಯ ಬಲ ಕೆಳಮೂಲೆಯಲ್ಲಿ ಮನುಷ್ಯನ ಆಕಾರದ ಗುರುತು ಇದೆ. ಪಾಸ್‌ವರ್ಡ್ ಹಾಕಲು ಪರದೆಯ ಕೀಬೋರ್ಡ್ ಅಲ್ಲೇ ತೆರೆಯಬಹುದು. ಅದನ್ನು ಮೊದಲೇ ಒಮ್ಮೆ ನೋಡಿಟ್ಟುಕೊಳ್ಳಿ.

ಬಿಳಿಮೋಡ ಅವರೇ, ನಿಮ್ಮ ಲೆಕ್ಕ ಬಹಳ ಉಪಯೋಗಕ್ಕೆ ಬಂತು. Esc ಸತತವಾಗಿ ಒತ್ತಿಕೊಂಡಿಲ್ಲ, ಆಗೊಮ್ಮೆ ಈಗೊಮ್ಮೆ ತಗಲುತ್ತಿದೆ. 12ರಿಂದ 30 ಸೆಕೆಂಡಿಗೆ ಒಂದು ಸಲ. ಅಂದರೆ ನೀವು ಎಷ್ಟು ಹೊತ್ತು ಕಾಯುತ್ತೀರೋ ಅಷ್ಟು ಅಪಾಯ ಹೆಚ್ಚು. 10 ಸೆಕೆಂಡ್ ಕಾದು, ಆಮೇಲೆ ನಿಧಾನವಾಗಿ ಎಳೆದು ಗುರುತು ಮಾಡಿದರೆ 15 ಸೆಕೆಂಡ್ ಹತ್ತಿರ ಹೋಗುತ್ತದೆ. ಅಷ್ಟರಲ್ಲಿ Esc ಬಂದುಬಿಡಬಹುದು.

ಎರಡು ಬದಲಾವಣೆ ಮಾಡಿ. ಮೊದಲನೆಯದು, ಆಯತ ಎಳೆಯುವ ಮೋಡ್ ಬಿಟ್ಟು Full screen ಆರಿಸಿ. ಇದರಲ್ಲಿ ಎಳೆಯುವ ಹಂತವೇ ಇಲ್ಲ. ಸಮಯ ಮುಗಿದ ಕೂಡಲೇ ಇಡೀ ಪರದೆ ಚಿತ್ರವಾಗುತ್ತದೆ, Esc ಗೆ ಕೆಡಿಸಲು ಏನೂ ಉಳಿಯುವುದಿಲ್ಲ. ಬೇಕಾದ ಭಾಗವನ್ನು ಆಮೇಲೆ ಅಲ್ಲೇ ಕ್ರಾಪ್ ಗುರುತು ಒತ್ತಿ ಕತ್ತರಿಸಿಕೊಳ್ಳಬಹುದು.

ಎರಡನೆಯದು, 5 ಸೆಕೆಂಡನ್ನೇ ಇಟ್ಟುಕೊಳ್ಳಿ, ಆದರೆ ದಾರಿ ಚಿಕ್ಕದು ಮಾಡಿ. Snipping Tool ಕಿಟಕಿಯನ್ನು ಎಳೆದು, ಅದರ New ಬಟನ್ ನಿಮ್ಮ ಸಾಫ್ಟ್‌ವೇರಿನ ಮೆನು ಹೆಸರಿನ ಪಕ್ಕಕ್ಕೇ ಬರುವಂತೆ ಇಡಿ. ಎಣಿಕೆ ಶುರುವಾದಾಗ ಆ ಕಿಟಕಿ ತಾನೇ ಸರಿದುಹೋಗುತ್ತದೆ, ಅಡ್ಡ ಬರುವುದಿಲ್ಲ. ಮೊದಲು ಚಿತ್ರದ ಯೋಚನೆ ಬಿಟ್ಟು, ಒಳಮೆನುವಿನ ತನಕ ಎರಡು ಮೂರು ಸಲ ಹೋಗಿ ಕೈ ಪಳಗಿಸಿಕೊಳ್ಳಿ. ಒಳಮೆನುವಿಗೆ ಹೋಗುವಾಗ ಮೌಸನ್ನು ಅಡ್ಡಕ್ಕೆ ನೇರವಾಗಿ ಸರಿಸಿ. ಓರೆಯಾಗಿ ಹೋದರೆ ಪಕ್ಕದ ಸಾಲಿನ ಮೇಲೆ ಹಾದು, ಬೇರೆಯದೇ ತೆರೆದುಕೊಳ್ಳುತ್ತದೆ. ಸಮಯ ಅಲ್ಲೇ ಹಾಳಾಗುವುದು.

ಇನ್ನೂ ಒಂದು ವಿಷಯ. New ಒತ್ತುವ ಸ್ವಲ್ಪ ಮುಂಚೆ ಆ ಬಲ ಕ್ಲಿಕ್ ಮೆನು ಮುಚ್ಚಿತು ಅಂದುಕೊಳ್ಳಿ. ಆಗಲೇ ಶುರು ಮಾಡಿ. ನಿಮ್ಮ ಅಳತೆಯ ಪ್ರಕಾರ ಮುಂದಿನ 10 ಸೆಕೆಂಡ್ ನಿಮಗೆ ಸಿಗುವ ಸಾಧ್ಯತೆ ಜಾಸ್ತಿ.

ತುಂತುರು

ನನ್ನ ಹತ್ತಿರ ಕೀಬೋರ್ಡ್ ಕಳಚಿಡುವ ಸರ್ಫೇಸ್ ಟ್ಯಾಬ್ಲೆಟ್ ಇದೆ. ಅದರಲ್ಲಿ ಪವರ್ ಬಟನ್ ಮತ್ತು ವಾಲ್ಯೂಮ್ ಹೆಚ್ಚಿಸುವ ಬಟನ್ ಒಟ್ಟಿಗೆ ಒತ್ತಿದರೆ ಮೆನು ತೆರೆದಿದ್ದಾಗಲೂ ಚಿತ್ರ ಬರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಹೀಗೆ ಆಗಲ್ವಾ?

ಹಳೆಹಲಗೆ

ನಿಮ್ಮ ಟ್ಯಾಬ್ಲೆಟ್‌ನಲ್ಲಿ ಅದೇ ಒಳ್ಳೆ ದಾರಿ. ಬಟನ್ ಒತ್ತುವುದು ಕ್ಲಿಕ್ ಅಲ್ಲವಲ್ಲ, ಹಾಗಾಗಿ ಮೆನು ಮುಚ್ಚುವುದಿಲ್ಲ. ಆದರೆ ಲ್ಯಾಪ್‌ಟಾಪಿನ ವಾಲ್ಯೂಮ್ ಇರುವುದು ಸಾಮಾನ್ಯವಾಗಿ ಕೀಬೋರ್ಡ್ ಮೇಲೇ. ಪವರ್ ಬಟನ್ ಒತ್ತಿದರೆ ಯಂತ್ರ ನಿದ್ದೆಗೆ ಹೋಗಬಹುದು. ಬಿಳಿಮೋಡ ಅವರು ಅದನ್ನು ಪ್ರಯತ್ನಿಸುವುದು ಬೇಡ.

ಬಿಳಿಮೋಡ

ಬಂತು! ಎರಡನೇ ಸಲಕ್ಕೇ ಬಂತು. ಮೊದಲ ಸಲ ಓರೆಯಾಗಿ ಹೋಗಿ ಪಕ್ಕದ ಮೆನು ತೆರೆದೆ, ನೀವು ಹೇಳಿದ ಹಾಗೇ. ಎರಡನೇ ಸಲ Full screen, 5 ಸೆಕೆಂಡ್, ನೇರ ಅಡ್ಡಕ್ಕೆ. ಮಂಕಾದ ಆಯ್ಕೆ ಸ್ಪಷ್ಟವಾಗಿ ಕಾಣುತ್ತಿದೆ. ಕ್ರಾಪ್ ಕೂಡ ಮಾಡಿದೆ.

ಹೆಸರು ಟೈಪ್ ಮಾಡದೆ ಸೇವ್ ಮಾಡುವುದು ಹೇಗೆ ಅನ್ನೋ ಭಯ ಇತ್ತು. ಸೇವ್ ಗುರುತು ಒತ್ತಿದರೆ ದಿನಾಂಕ ಇರುವ ಹೆಸರು ತಾನೇ ಬಂದಿತ್ತು, Save ಒತ್ತಿದೆ ಅಷ್ಟೆ. ಮೇಲ್‌ಗೆ ಲಗತ್ತಿಸುವುದನ್ನೂ ಮೌಸಿನಲ್ಲೇ ಮಾಡಿದೆ.

ಈಗ ಅವರು ಇನ್ನೊಂದು ಕೇಳಿದ್ದಾರೆ. ಆ ಸಾಫ್ಟ್‌ವೇರ್ ತೆರೆಯುವಾಗ ಇಡೀ ಪರದೆ ಕಪ್ಪಾಗಿ "ಅನುಮತಿ ಕೊಡುವಿರಾ" ಎಂದು ಬರುತ್ತದಲ್ಲ, ಅದರದ್ದೂ ಬೇಕಂತೆ. ಇದೇ ಉಪಾಯ ಮಾಡಿದೆ, ಎರಡು ಸಲವೂ ಚಿತ್ರದಲ್ಲಿ ಆ ಪ್ರಶ್ನೆಯೇ ಇಲ್ಲ.

ಹಳೆಹಲಗೆ

ಬರುವುದೂ ಇಲ್ಲ. ಆ ಪ್ರಶ್ನೆಯನ್ನು ವಿಂಡೋಸ್ ಬೇರೆಯದೇ ಆದ, ಭದ್ರ ಮಾಡಿದ ಪರದೆಯಲ್ಲಿ ತೋರಿಸುತ್ತದೆ. ಯಾವುದೋ ಕೆಟ್ಟ ಪ್ರೋಗ್ರಾಂ ನಿಮ್ಮ ಬದಲು Yes ಒತ್ತಬಾರದು ಅಂತ ಆ ಏರ್ಪಾಡು. ಹಾಗಾಗಿ Snipping Tool ಗೆ ಅಲ್ಲಿ ಪ್ರವೇಶವಿಲ್ಲ. ಆ ಭದ್ರತೆಯನ್ನು ಕಡಿಮೆ ಮಾಡುವ ಸೆಟ್ಟಿಂಗ್ ಇದೆ, ಆದರೆ ಒಂದು ಚಿತ್ರಕ್ಕಾಗಿ ಅದನ್ನು ಮುಟ್ಟಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಇದೊಂದಕ್ಕೆ ಫೋನಿನ ಫೋಟೋನೇ ಸಾಕು. ಅಕ್ಷರ ದೊಡ್ಡದಾಗಿರುವುದರಿಂದ ಓದಲು ಆಗುತ್ತದೆ. ಅಲೆ ಗೆರೆ ಬಂದರೆ ಫೋನನ್ನು ಸ್ವಲ್ಪ ಹಿಂದಕ್ಕೋ ಓರೆಗೋ ಹಿಡಿದು ನೋಡಿ, ಬಹಳಷ್ಟು ಕಡಿಮೆಯಾಗುತ್ತದೆ.

ಕಡ್ಡಿಪುಡಿ

ನನ್ನದೂ ಒಂದು ಸಂಶಯ. ಪರದೆಯ ಕೀಬೋರ್ಡಿನ Options ಒಳಗೆ Hover over keys ಅಂತ ಇದೆ. ಕ್ಲಿಕ್ ಮಾಡದೆ ಕೀ ಮೇಲೆ ಮೌಸ್ ನಿಲ್ಲಿಸಿದರೇ ಒತ್ತಿದ ಹಾಗೆ ಆಗುತ್ತದೆ. ಕ್ಲಿಕ್ಕೇ ಇಲ್ಲ ಅಂದಮೇಲೆ ಮೆನು ಮುಚ್ಚಬಾರದಲ್ಲ?

ಹಳೆಹಲಗೆ

ಒಳ್ಳೆ ಪ್ರಶ್ನೆ ಕೇಳಿದಿರಿ. ಒಳಮೆನು ತೆರೆದಿದ್ದಾಗ ಅದರಿಂದ ಮೌಸ್ ಆಚೆ ತಂದರೆ ಆ ಸಾಲು ತನ್ನ ಬೆಳಕು ಕಳೆದುಕೊಳ್ಳಬಹುದು, ಕೀಬೋರ್ಡ್ ಚಿತ್ರದಲ್ಲಿ ಬರುವ ತೊಂದರೆಯಂತೂ ಉಳಿದೇ ಇರುತ್ತದೆ. ಒಂದು ಸಾಲಿನ ಮಾಮೂಲಿ ಮೆನುವಿನಲ್ಲಿ ಮಾಡಿ ನೋಡಿ, ಏನಾಯ್ತು ಅಂತ ಇಲ್ಲೇ ಬರೆಯಿರಿ.

ಬಿಳಿಮೋಡ

ಫೋಟೋ ತೆಗೆದು ಕಳಿಸಿದೆ, ಓದಲು ಬರುತ್ತದೆ ಎಂದರು. ಆದರೆ ಇವತ್ತು ಬೆಳಗ್ಗೆಯಿಂದ Esc ಐದಾರು ಸೆಕೆಂಡಿಗೆ ಒಂದು ಸಲ ಬಡಿಯುತ್ತಿದೆ. ಮೆನು ನಿಲ್ಲುತ್ತಲೇ ಇಲ್ಲ. ಇನ್ನು ಕೀಬೋರ್ಡಿನ ಒಳಗಿನ ಕೇಬಲ್ ಬಿಚ್ಚಿಸುವುದೇ ದಾರಿ ಅನಿಸುತ್ತದೆ. ನಾಳೆ ರಿಪೇರಿಯವರ ಹತ್ತಿರ ಹೋಗಿ ಬಂದು ಬರೆಯುತ್ತೇನೆ.