ವಿಸಿಟಿಂಗ್ ಕಾರ್ಡ್ ಫೋಟೋದಿಂದ ನಂಬರ್ ಸೇವ್ ಮಾಡಿದಾಗ 3 ಹೋಗಿ 8 ಆದರೆ? – ಪ್ರಶ್ನೋತ್ತರ

ಈರಣ್ಣ, ಹಾವೇರಿ: ಮಂಜುಳಾ ಮೇಡಂ, ನಮಸ್ಕಾರ್ರಿ. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ ಒಬ್ಬರ ಕಾರ್ಡ್ ಫೋಟೋ ಹೊಡದು ನನ್ನ ಮಗ ಫೋನ್‌ನ್ಯಾಗ ಕಾಂಟ್ಯಾಕ್ಟ್ ಮಾಡ್ಯಾನ. ಆ ನಂಬರಿಗೆ ವಾಟ್ಸಾಪ್‌ನ್ಯಾಗ ರೇಟ್ ಕೇಳಿದ್ರ 'ಅಡ್ವಾನ್ಸ್ ಹಾಕ್ರಿ' ಅಂತಾರ, ಅಂಗಡಿ ಹೆಸರು ಕೇಳಿದ್ರ ಹೇಳವಲ್ರು. ಬಿಲ್ ಸಾಫ್ಟ್‌ವೇರ್ ಅದ ಕಾರ್ಡಿನ ಜಿಎಸ್‌ಟಿ ನಂಬರ್ ತಪ್ಪು ಅಂತೈತಿ. ಕಾರ್ಡ್ ಕಳದೈತಿ, ಫೋಟೋ ಅಷ್ಟ ಐತಿ. ನಂಬರ್ ಸರಿ ಐತೋ ಇಲ್ಲೋ ಹೆಂಗ ನೋಡೂದ್ರಿ?

ಮಂಜುಳಾ (ಡೇಟಾ ಎಂಟ್ರಿ, ಬೆಂಗಳೂರು): ಈರಣ್ಣ ಅವರೇ, ಮೊದಲು ಅಡ್ವಾನ್ಸ್ ನಿಲ್ಲಿಸಿ. ಫೋಟೋ ನನಗೆ ಪ್ರತ್ಯೇಕವಾಗಿ ಕಳಿಸಿ, ಗ್ರೂಪಿಗೆ ಹಾಕಬೇಡಿ. ಕಳಿಸುವಾಗ ಫೋಟೋ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತೆ. ಸಣ್ಣ ಅಂಕಿಗಳ ಸಂದು ಮುಚ್ಚಿಹೋಗೋದು ಅಲ್ಲೇ.

ಶ್ವೇತಾ: ಕಾರ್ಡ್ ಸ್ಕ್ಯಾನ್ ಮಾಡೋಕೆ ಯಾವ ಆ್ಯಪ್ ಒಳ್ಳೇದು ಮೇಡಂ?

ಮಂಜುಳಾ: ಫೋನಿನಲ್ಲಿ ಇರೋದೇ ಸಾಕು. ಯಾವ ಆ್ಯಪ್ ಆದರೂ ಅಂಕಿ ಕಣ್ಣಿಂದ ನೋಡಲೇಬೇಕು.

ನಾಗರಾಜ್: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗುತ್ತೆ. ಮೊಬೈಲ್ ನಂಬರಿನ ಹತ್ತೂ ಅಂಕಿ ಕೂಡಿ ಒಂದೇ ಅಂಕಿಗೆ ಇಳಿಸಿ. 3, 6, 9 ಬಂದ್ರೆ ನಂಬರ್ ಅಸಲಿ, ಬೇರೆ ಬಂದ್ರೆ ಸ್ಕ್ಯಾನ್ ತಪ್ಪು.

ಮಂಜುಳಾ: ನಾಗರಾಜ್ ಅವರೇ, ಇದು ಶುದ್ಧ ಸುಳ್ಳು. ದಯವಿಟ್ಟು ಅಳಿಸಿ. ಇದನ್ನು ನಂಬಿ ಯಾರಾದರೂ ದುಡ್ಡು ಹಾಕಿದರೆ ಹೊಣೆ ಯಾರು?

ಸುರೇಶ್: ಪೂರ್ತಿ ಸುಳ್ಳಲ್ಲ ಮೇಡಂ. ಆಧಾರ್ ನಂಬರಿನ ಕೊನೇ ಅಂಕಿ ಚೆಕ್ ಅಂಕಿ, ಅಂದರೆ ಹಿಂದಿನ ಅಂಕಿಗಳ ಲೆಕ್ಕದಿಂದ ಬರೋದು, ಬ್ಯಾಂಕ್ ಕಾರ್ಡಿನದ್ದೂ ಹಾಗೇ. ಮೊಬೈಲಿಗೂ ಇರಬೇಕಲ್ವಾ?

ಮಂಜುಳಾ: ಆಧಾರ್, ಬ್ಯಾಂಕ್ ಕಾರ್ಡ್ ವಿಷಯ ನೀವು ಹೇಳಿದ್ದು ಸರಿ. ಮೊಬೈಲಿಗೆ ಇಲ್ಲ. ಹತ್ತು ಅಂಕಿ ಇರಬೇಕು, 6, 7, 8, 9ರಲ್ಲಿ ಒಂದರಿಂದ ಶುರುವಾಗಬೇಕು, ಅಷ್ಟೇ ಕಟ್ಟುಪಾಡು. ಹಾಗಾಗಿ ಒಂದು 3 ಹೋಗಿ 8 ಆದರೆ ಅದೂ ಸರಿಯಾದ ರೂಪದ ನಂಬರೇ, ಇನ್ಯಾರದೋ ಆಗಿರಬಹುದು. ಬಳಕೆಯಲ್ಲಿದ್ದರೆ ರಿಂಗ್ ಆಗುತ್ತೆ, ವಾಟ್ಸಾಪ್ ಡಿಪಿಯೂ ಕಾಣಬಹುದು. ಆಗ 'ತಪ್ಪು' ಅಂತ ಫೋನ್ ಹೇಳಲ್ಲ.

ಗೀತಾ: ನನ್ನ ಕಾರ್ಡಿನಲ್ಲಿ ಲ್ಯಾಂಡ್‌ಲೈನ್ ಕೊನೆಗೆ ಗೆರೆ ಹಾಕಿ 78/79 ಅಂತಿದೆ. ಸೇವ್ ಆದ ನಂಬರ್ ಉದ್ದ ಆಗಿಬಿಟ್ಟಿದೆ, ಕಾಲ್ ಹೋಗಲ್ಲ.

ಮಂಜುಳಾ: ಅದು ಎರಡು ನಂಬರ್ ಗೀತಾ. ಒಂದು 78ಕ್ಕೆ ಮುಗಿಯುತ್ತೆ, ಇನ್ನೊಂದು 79ಕ್ಕೆ. ಸ್ಕ್ಯಾನ್ ಎರಡನ್ನೂ ಒಂದೇ ಸಾಲಾಗಿ ಓದಿದೆ, ಕೆಲವೊಮ್ಮೆ ಆ ಓರೆಗೆರೆಯನ್ನೂ 1 ಅಂತ ಓದುತ್ತೆ. ಬೆಂಗಳೂರಾದರೆ 080 ಬಿಟ್ಟು ಎಂಟು ಅಂಕಿ, ಹುಬ್ಬಳ್ಳಿಯಾದರೆ 0836 ಬಿಟ್ಟು ಏಳು. ಎಣಿಸಿ ಎರಡು ಬೇರೆ ನಂಬರಾಗಿ ಹಾಕಿ.

ಮಂಜುಳಾ: ಈರಣ್ಣ ಅವರೇ, ಫೋಟೋ ನೋಡಿದೆ. ನಿಮ್ಮ ಬಿಲ್ ಸಾಫ್ಟ್‌ವೇರ್ 'ತಪ್ಪು' ಅಂದಿದ್ದೇ ನಮಗೆ ದಾರಿ ತೋರಿಸಿದ್ದು. ಸ್ವಲ್ಪ ಉದ್ದ ಬರೀತೇನೆ, ನಿಧಾನವಾಗಿ ಓದಿ.

ಮೊಬೈಲ್ ನಂಬರಿನ ತಪ್ಪನ್ನು ಲೆಕ್ಕದಿಂದ ಹಿಡಿಯೋಕಾಗಲ್ಲ. ಆದರೆ ಅದೇ ಕಾರ್ಡಿನಲ್ಲಿ ಜಿಎಸ್‌ಟಿ ನಂಬರ್ ಇದೆ, ಅದರ ಕೊನೇ ಅಕ್ಷರ ಚೆಕ್ ಅಕ್ಷರ. ಒಂದೇ ಕಾರ್ಡ್, ಒಂದೇ ಅಕ್ಷರಶೈಲಿ, ಒಂದೇ ಫೋಟೋ. ಜಿಎಸ್‌ಟಿ ನಂಬರಿನಲ್ಲಿ ಸ್ಕ್ಯಾನ್ ಯಾವ ಅಂಕಿಯನ್ನು ತಪ್ಪಾಗಿ ಓದಿದೆಯೋ, ಮೊಬೈಲ್ ನಂಬರಿನಲ್ಲೂ ಅದೇ ಅಂಕಿಯ ಮೇಲೆ ಅನುಮಾನ ಪಡಬೇಕು.

ನಿಮ್ಮ ವ್ಯಾಪಾರಿಯ ನಂಬರ್ ಇಲ್ಲಿ ಹಾಕಲ್ಲ. ಅಂಥದ್ದೇ ಕಟ್ಟಿದ ನಂಬರ್ ಹಾಕ್ತೇನೆ. ಸ್ಕ್ಯಾನ್ ಹೀಗೆ ಓದಿದೆ ಅಂದುಕೊಳ್ಳಿ:

```
29ABCDE1284F1ZW
```

29 ಕರ್ನಾಟಕದ ಸಂಖ್ಯೆ. ಆಮೇಲಿನ ಹತ್ತು ಪ್ಯಾನ್, ಅಂದರೆ ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. S ಮತ್ತು 5, O ಮತ್ತು 0 ಗೊಂದಲ ಇಲ್ಲಿ ಜಾಗ ನೋಡಿದರೇ ಬಗೆಹರಿಯುತ್ತೆ, ಅಕ್ಷರದ ಜಾಗದಲ್ಲಿ ಅಂಕಿ ಬರೋ ಹಾಗಿಲ್ಲ. 3 ಮತ್ತು 8 ಎರಡೂ ಅಂಕಿಗಳೇ, ಅದಕ್ಕೆ ಲೆಕ್ಕವೇ ಬೇಕು. A ಅಂದರೆ 10, B ಅಂದರೆ 11, ಹೀಗೆ Z ಅಂದರೆ 35. ಮೊದಲ ಹದಿನಾಲ್ಕನ್ನು ಎಡದಿಂದ ಒಂದು ಬಿಟ್ಟು ಒಂದರಂತೆ 1, 2, 1, 2ರಿಂದ ಗುಣಿಸಿ. ಗುಣಲಬ್ಧ 36 ಅಥವಾ ಹೆಚ್ಚಾದರೆ 36ರಿಂದ ಭಾಗಿಸಿ, ಭಾಗಲಬ್ಧ ಮತ್ತು ಶೇಷ ಎರಡನ್ನೂ ಕೂಡಿ. Zಗೆ 70 ಬರುತ್ತೆ, ಅದು 1 ಮತ್ತು 34, ಒಟ್ಟು 35. ಎಲ್ಲ ಕೂಡಿದರೆ ಮೇಲಿನದಕ್ಕೆ 194. ಅದನ್ನು 36ರಿಂದ ಭಾಗಿಸಿದರೆ ಶೇಷ 14. 36ರಲ್ಲಿ 14 ಕಳೆದರೆ 22, ಅಂದರೆ M. ಕಾರ್ಡಿನಲ್ಲಿ ಕೊನೆಗೆ ಇರೋದು W. ಎಲ್ಲೋ ತಪ್ಪಿದೆ.

ಈಗ ಆ 8 ತೆಗೆದು 3 ಹಾಕಿ. ಮೊತ್ತ 184, ಶೇಷ 4, ಕಳೆದರೆ 32, ಅದು W. ಸರಿಹೋಯ್ತು. ಒಂದೇ ಒಂದು ಅಕ್ಷರ ತಪ್ಪಿದ್ದರೆ ಈ ಲೆಕ್ಕ ಖಂಡಿತ ಹಿಡಿಯುತ್ತೆ. ಎರಡು ತಪ್ಪಿದ್ದರೆ ಅಪರೂಪಕ್ಕೆ ತಪ್ಪಿಸಿಕೊಳ್ಳಬಹುದು. ಎಲ್ಲಿ ತಪ್ಪಿದೆ ಅಂತ ಮಾತ್ರ ಅದು ಹೇಳಲ್ಲ, ಅದನ್ನು ನೀವೇ ಕಣ್ಣಿಂದ ಹುಡುಕಬೇಕು.

ನಿಮ್ಮ ಫೋಟೋದಲ್ಲೂ ಆಗಿರೋದು ಇದೇ, 3 ಹೋಗಿ 8. ಹಾಗಾದರೆ ಮೊಬೈಲಿನ ಕೊನೆಗೆ ಸ್ಕ್ಯಾನ್ ಓದಿರೋ 4886ರಲ್ಲಿ ಎರಡೂ 8 ಅನುಮಾನದವು. ಇಲ್ಲಿ ವಿಳಾಸದ ಪಿನ್‌ಕೋಡ್ ಕೈಹಿಡಿಯಿತು. ಬ್ಯಾಡಗಿ ಕಡೆಯದ್ದು 581ರಿಂದ ಶುರು, ಆದ್ದರಿಂದ ಅಲ್ಲಿನ 8 ಖಂಡಿತ 8. ಅದನ್ನು ದೊಡ್ಡದು ಮಾಡಿ ಪಕ್ಕಕ್ಕಿಟ್ಟು ನೋಡಿದೆ. ನಿಜವಾದ 8ಕ್ಕೆ ಎಡಕ್ಕೂ ಬಲಕ್ಕೂ ನಡು ಒಳಗೆ ಸರಿದಿರುತ್ತೆ. 4ರ ಪಕ್ಕದ 8 ಪಿನ್‌ಕೋಡಿನದ್ದರ ಹಾಗೇ ಇದೆ. ಆಮೇಲಿನದಕ್ಕೆ ಬಲಕ್ಕೆ ಮಾತ್ರ ನಡು ಇದೆ, ಎಡಗಡೆ ಮಸಿ ತುಂಬಿ ನೆಟ್ಟಗೆ ಇಳಿದಿದೆ. ಅದು 3. ನನ್ನ ಪ್ರಕಾರ ಕೊನೆಯ ನಾಲ್ಕು 4836.

ಈರಣ್ಣ, ಹಾವೇರಿ: ಅಂದ್ರ ಇಷ್ಟು ದಿನ ಬ್ಯಾರೆಯವರ ಹತ್ರ ರೇಟ್ ಕೇಳೇವಲ್ರಿ! ಈಗ 4836ಕ್ಕ ಫೋನ್ ಮಾಡ್ಲೇನ್ರಿ?

ಮಂಜುಳಾ: ಮಾಡಿ, ಆದರೆ ಅಂಗಡಿ ಹೆಸರು ನೀವು ಹೇಳಬೇಡಿ, ಅವರ ಬಾಯಿಂದ ಹೇಳಿಸಿ. 'ಇಂಥ ಅಂಗಡಿಯವರಾ?' ಅಂದರೆ ಯಾರು ಬೇಕಾದರೂ ಹೌದು ಅಂತಾರೆ. ಅದಕ್ಕೆ ಮೊದಲು ಜಿಎಸ್‌ಟಿ ಪೋರ್ಟಲ್‌ನ Search Taxpayerನಲ್ಲಿ ಸರಿಮಾಡಿದ ನಂಬರ್ ಹಾಕಿ. ಅಂಗಡಿ ಹೆಸರು, ವಿಳಾಸ ಬರುತ್ತೆ, ಲಾಗಿನ್ ಬೇಡ. ಫೋನ್ ನಂಬರ್ ಅಲ್ಲಿ ತೋರಿಸಲ್ಲ. ಆ ಹೆಸರಿನ ಜೊತೆ ಫೋನಲ್ಲಿ ಹೇಳಿದ್ದು ತಾಳೆಯಾಗಬೇಕು.

ಹಳೇ ಕಾಂಟ್ಯಾಕ್ಟನ್ನು ಪೂರ್ತಿ ಅಳಿಸಿ ಹೊಸದು ಮಾಡಿ. ಒಂದೇ ಹೆಸರಲ್ಲಿ ಎರಡಿದ್ದರೆ ಫೋನ್ ಮರ್ಜ್ ಮಾಡೋಣವಾ ಅಂತ ಕೇಳುತ್ತೆ. ಒತ್ತಿದಿರೋ, ತಪ್ಪು ನಂಬರೂ ಒಳಗೇ ಉಳಿಯುತ್ತೆ.

ಪ್ರಕಾಶ್ (ಪ್ರಿಂಟಿಂಗ್ ಪ್ರೆಸ್, ದಾವಣಗೆರೆ): ನಾನು ಕಾರ್ಡ್ ಪ್ರಿಂಟ್ ಮಾಡೋನು. ಗಿರಾಕಿಗಳು ಜಿಎಸ್‌ಟಿ, ಬ್ಯಾಂಕ್ ಎಲ್ಲಾ ತುರುಕಿ ಅಂತಾರೆ, ಜಾಗ ಸಾಲದೆ ನಂಬರ್ ಸಣ್ಣ ಆಗುತ್ತೆ. ದಪ್ಪ ಅಕ್ಷರದಲ್ಲಿ ಸಣ್ಣಗೆ ಹೊಡೆದರೆ 3ರ ಬಾಯಿ ಮಸಿಗೆ ಮುಚ್ಚಿಕೊಳ್ಳುತ್ತೆ. ಗೋಲ್ಡ್ ಫಾಯಿಲ್ ಆದರೆ ಇನ್ನೂ ಕಷ್ಟ, ಲೈಟ್ ಬಿದ್ದಲ್ಲಿ ಅಂಕಿ ಅರ್ಧ ಮಾಯ.

ನಾಗರಾಜ್: ಫಾಯಿಲ್ ಕಾರ್ಡಿಗೆ ಮನೆಮದ್ದು ಇದೆ. ಮುಖಕ್ಕೆ ಹಚ್ಚೋ ಪೌಡರ್ ಸವರಿ ಫೋಟೋ ತೆಗೀರಿ, ನೂರಕ್ಕೆ ನೂರು ಓದುತ್ತೆ. ಇದೂ ಫಾರ್ವರ್ಡ್ ಬಂದದ್ದೇ.

ಮಂಜುಳಾ: ಪೌಡರ್ ಹಚ್ಚಬೇಡಿ. ಪುಡಿ ಅಂಕಿಯ ಸಂದಿನಲ್ಲಿ ಕೂತರೆ ತೆರೆದಿರೋ 3 ಕೂಡ ಮುಚ್ಚುತ್ತೆ. ಫ್ಲ್ಯಾಶ್ ಆರಿಸಿ ಕಿಟಕಿ ಹತ್ತಿರ ಕಾರ್ಡನ್ನು ಸ್ವಲ್ಪ ವಾಲಿಸಿ ತೆಗೆದರೆ ಮುಗೀತು. ಕೋನ ಬದಲಿಸಿ ಇನ್ನೊಂದು ಫೋಟೋ ತೆಗೆದು ಎರಡರ ಓದನ್ನೂ ಹೋಲಿಸಿ, ಎಲ್ಲಿ ಬೇರೆ ಬಂತೋ ಅಲ್ಲಿ ಕಾರ್ಡ್ ನೋಡಿ. ನಾಗರಾಜ್, ಇನ್ನು ಫಾರ್ವರ್ಡ್ ಸಾಕು.

ನಾಗರಾಜ್: ಒಳ್ಳೇದಕ್ಕೆ ಹಾಕಿದ್ದು ಮೇಡಂ. ಅಷ್ಟು ಸಿಟ್ಟು ಯಾಕೆ?

ಚೇತನ್: ನಮ್ಮ ಕಾರ್ಡಿನಲ್ಲಿ ಇರೋದೆಲ್ಲ ಕನ್ನಡ ಅಂಕಿ. ಸ್ಕ್ಯಾನ್ ಮಾಡಿದವರಿಗೆ ೩ ಮತ್ತು ೬ ಅದಲು ಬದಲಾಗುತ್ತೆ, ೦ ಅನ್ನೋದು ಅನುಸ್ವಾರ ಆಗಿ ಹಿಂದಿನ ಅಕ್ಷರಕ್ಕೆ ಅಂಟಿಕೊಳ್ಳುತ್ತೆ. ಏನು ಮಾಡೋದು?

ರಫೀಕ್: ಇಂಗ್ಲಿಷ್ ಅಂಕಿ ಹಾಕಿ, ಮುಗೀತು. ಫೋನ್ ಮಾಡೋರಿಗೆ ತೊಂದರೆ ಯಾಕೆ?

ಚೇತನ್: ಕರ್ನಾಟಕದಲ್ಲಿ ಕನ್ನಡ ಅಂಕಿ ತೊಂದರೆನಾ? ಸಾಫ್ಟ್‌ವೇರ್ ಸರಿಮಾಡಲಿ.

ರಫೀಕ್: ನಾನೂ ಕನ್ನಡದೋನೇ ಸ್ವಾಮಿ. ನಮ್ಮ ಅಂಗಡಿ ಬೋರ್ಡ್ ಕನ್ನಡದಲ್ಲೇ ಇದೆ. ಆದರೆ ಗಿರಾಕಿ ಫೋನ್ ಇನ್ನೊಬ್ಬರಿಗೆ ಹೋದರೆ ವ್ಯಾಪಾರ ಯಾರದ್ದು?

ಚೇತನ್: ವ್ಯಾಪಾರಕ್ಕೆ ಭಾಷೆ ಬಿಡೋರು ನೀವು.

ಪ್ರಕಾಶ್ (ಪ್ರಿಂಟಿಂಗ್ ಪ್ರೆಸ್, ದಾವಣಗೆರೆ): ಇಬ್ಬರೂ ನಿಲ್ಲಿಸ್ರಪ್ಪಾ. ನಂಬರನ್ನು ಎರಡೂ ಅಂಕಿಯಲ್ಲಿ ಹೊಡೆಸಿ, ಒಂದು ಸಾಲು ಅದು, ಒಂದು ಸಾಲು ಇದು.

ಮಂಜುಳಾ: ಪ್ರಕಾಶ್ ಹೇಳಿದ್ದೇ ಸರಿ. ಒಂದೇ ನಂಬರ್ ಎರಡು ರೂಪದಲ್ಲಿ ಇದ್ದರೆ ಒಂದರ ತಪ್ಪನ್ನು ಇನ್ನೊಂದು ತೋರಿಸುತ್ತೆ, ಎರಡೂ ಒಂದೇ ಕಡೆ ತಪ್ಪೋದು ಕಮ್ಮಿ. ಇನ್ನೂ ಒಳ್ಳೇದು ಬೇಕಾದರೆ ಹಿಂಬದಿಗೆ ಕಾಂಟ್ಯಾಕ್ಟ್ ಇರೋ ಕ್ಯೂಆರ್ ಹಾಕಿಸಿ. ಕ್ಯೂಆರ್‌ನಲ್ಲಿ ತಪ್ಪು ತಿದ್ದೋ ವ್ಯವಸ್ಥೆ ಒಳಗೇ ಇದೆ. ಓದಿದರೆ ಸರಿಯಾಗಿ ಓದುತ್ತೆ, ಇಲ್ಲದಿದ್ದರೆ ಓದೋದೇ ಇಲ್ಲ. ಪೇಮೆಂಟ್ ಕ್ಯೂಆರ್ ಬೇರೆ, ಅದು ಕಾಂಟ್ಯಾಕ್ಟ್ ಅಲ್ಲ.

ಚೇತನ್: ಕನ್ನಡ ಅಂಕಿಯಲ್ಲೇ ಸೇವ್ ಮಾಡಿದರೆ ಕಾಲ್ ಹೋಗುತ್ತಾ?

ಶ್ವೇತಾ: ಸ್ಕ್ಯಾನ್ ಮಾಡಿದಾಗ ಕಂಪನಿ ಹೆಸರು ಹೋಗಿ ವ್ಯಕ್ತಿ ಹೆಸರಿನ ಜಾಗದಲ್ಲಿ ಕೂರುತ್ತೆ. ಅದಕ್ಕೇನು ಮಾಡೋದು? ಹಾಗೇ ಯಾವ ಆ್ಯಪ್ ಅಂತ ಹೇಳಲೇ ಇಲ್ಲ.

ಮಂಜುಳಾ: ಹೇಳಿದೀನಿ, ಮೇಲೆ ನೋಡಿ.

ಸುರೇಶ್: ನಂಬರ್ ಹಾಕಿದರೆ ಹೆಸರು ತೋರಿಸೋ ಆ್ಯಪ್ ಇದೆಯಲ್ಲ ಮೇಡಂ. ಅದರಲ್ಲಿ ನೋಡಿದರೆ ಮುಗೀತಲ್ವಾ? ಇಷ್ಟು ಲೆಕ್ಕ ಯಾಕೆ?

ಮಂಜುಳಾ: ಅಲ್ಲಿ ಬರೋ ಹೆಸರು ಸಾಮಾನ್ಯವಾಗಿ ಜನ ತಮ್ಮ ಫೋನಲ್ಲಿ ಬರೆದುಕೊಂಡದ್ದು. 'ಬ್ಯಾಡಗಿ ಮೆಣಸಿನಕಾಯಿ' ಅಂತ ಬಂದರೂ ಅದು ಯಾರೋ ಬರೆದದ್ದು ಅಷ್ಟೇ. ಸುಳಿವು ಅಂತ ಇಟ್ಟುಕೊಳ್ಳಿ, ಅದನ್ನು ನಂಬಿ ದುಡ್ಡು ಹಾಕಬೇಡಿ.

ನಾಗರಾಜ್: ಕಾರ್ಡ್ ಅಪ್‌ಲೋಡ್ ಮಾಡಿದರೆ ಅಂಕಿ ತಾನೇ ಸರಿ ಮಾಡೋ ಸೈಟ್ ಲಿಂಕ್ ಬಂದಿದೆ, ಹಾಕಲಾ?

ಮಂಜುಳಾ: ಬೇಡ. ಇನ್ನೊಬ್ಬರ ನಂಬರ್, ವಿಳಾಸ, ಕೆಲವು ಕಾರ್ಡಲ್ಲಿ ಬ್ಯಾಂಕ್ ಖಾತೆಯೂ ಇರುತ್ತೆ. ಗೊತ್ತಿಲ್ಲದ ಸೈಟಿಗೆ ಹಾಕೋ ಹಕ್ಕು ನಮಗಿಲ್ಲ. ಇನ್ನೊಮ್ಮೆ ಹಾಕಿದರೆ ಗ್ರೂಪಿಂದ ತೆಗೀತೇನೆ, ಇದು ಕೊನೇ ಮಾತು.

ರಫೀಕ್: ನಾನೇನೋ ಸಲಹೆ ಕೊಟ್ಟಿದ್ದಕ್ಕೆ ಚೇತನ್ ನನಗೆ ಭಾಷೆ ಪಾಠ ಹೇಳ್ತಾರೆ. ಅಡ್ಮಿನ್ ನೋಡಿಕೊಳ್ಳಿ.

ಈರಣ್ಣ, ಹಾವೇರಿ: ಮೇಡಂ, ಪೋರ್ಟಲ್‌ನ್ಯಾಗ ಬ್ಯಾಡಗಿ ಅಂಗಡಿ ಹೆಸರು ಬಂತ್ರಿ. 4836ಕ್ಕ ಫೋನ್ ಮಾಡಿದ್ವಿ, ಅವರ ಮಗ ಎತ್ತಿ ತಾನ ಅಂಗಡಿ ಹೆಸರು ಹೇಳಿದ, ತಾಳಿ ಆತ್ರಿ. ಆ ಅಡ್ವಾನ್ಸ್ ಕೇಳಿದವನ್ನ ಏನ್ ಮಾಡೂದ್ರಿ? ಈಗೂ ಮೆಸೇಜ್ ಹಾಕಾಕತ್ತಾನ.

ಮಂಜುಳಾ: ಉತ್ತರ ಕೊಡಬೇಡಿ. ರಿಪೋರ್ಟ್ ಮಾಡಿ ಬ್ಲಾಕ್ ಮಾಡಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಅಂತಿದ್ದೆ, ಹೋಗಿಲ್ಲ ಅಲ್ವಾ?

ಈರಣ್ಣ, ಹಾವೇರಿ: ಹೋಗಿಲ್ರಿ.