ಫ್ರಾಕಿನ ಅಂಚು ಕೆಳಗಿಳಿಸೋಕೆ ಎಳೀಬೇಡ, ಕತ್ತರಿಸಿ ಜರುಗಿಸು

"ಚಿಕ್ಕಪ್ಪಾ, ಅಕ್ಕನ ಈ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸ್ಬೇಕು ಅಂತಿದೀವಿ, ಫ್ರಾಕು ಮಂಡಿಗಿಂತ ಮೇಲಿದೆ, ಅವಳೇ ಸ್ವಲ್ಪ ಉದ್ದ ಮಾಡ್ಸು ಅಂತಿದಾಳೆ. ನಾನು ಕೆಳಗೆ ಎಳೆದು ನೋಡಿದ್ರೆ ಹೂವೆಲ್ಲ ಉದ್ದುದ್ದ ಆಗೋಯ್ತು. ಹೇಗ್ ಮಾಡೋದು? ಇಲ್ಲ ಮೇಲೊಂದು ಶಾಲು ಹಾಕಿಬಿಟ್ರೆ ಸಾಕಾ?"

ಪುಟ್ಟಿ, ಟೈಪ್ ಮಾಡ್ತಾನೇ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ನಿಧಾನಕ್ಕೆ ಓದ್ಕೊ. ಈ ಫೋಟೋಗೆ ಶಾಲು ಬೇಡ, ಅಂಚನ್ನೇ ಕೆಳಗಿಳಿಸೋಣ, ಯಾಕಂದ್ರೆ ಅವಳು ನೇರವಾಗಿ ನಿಂತಿದಾಳೆ, ಕೈ ಎರಡೂ ಸೊಂಟದ ಹತ್ರ ಇದೆ, ಕಾಲಿನ ಮೇಲೆ ಏನೂ ಅಡ್ಡ ಬಂದಿಲ್ಲ, ಇಂಥ ಫೋಟೋ ಸಿಗೋದೇ ಪುಣ್ಯ. ಶಾಲಿನ ವಿಷ್ಯ ಕೊನೇಲಿ ಹೇಳ್ತೀನಿ.

ಮೊದ್ಲು ಎಳೆದ್ರೆ ಯಾಕೆ ಕೆಡುತ್ತೆ ಅಂತ ನೋಡು. ಉದ್ದದ ಫ್ರಾಕು ಅಂದ್ರೆ ಬಟ್ಟೆ ಜಾಸ್ತಿ ಇರುತ್ತೆ ಅಷ್ಟೇ, ಅದೇ ಬಟ್ಟೆ ಹಿಗ್ಗಿರಲ್ಲ. ಹೂವು ಮೇಲೆ ಎಷ್ಟು ದೊಡ್ಡದೋ ಕೆಳಗೂ ಅಷ್ಟೇ ಇರ್ಬೇಕು, ಅಂಚಿನ ಹೊಲಿಗೆ ಪಟ್ಟಿ ಈಗ ಎಷ್ಟು ದಪ್ಪ ಇದೆಯೋ ಅಷ್ಟೇ ಇರ್ಬೇಕು. ನೀನು ಇಡೀ ಫ್ರಾಕು ಹಿಡಿದು ಎಳೆದಾಗ ಹೂವೂ ಎಳೀತು, ಹೊಲಿಗೇನೂ ದಪ್ಪ ಆಯ್ತು, ನೋಡೋರಿಗೆ ಏನೋ ಸರಿ ಇಲ್ಲ ಅಂತ ತಕ್ಷಣ ಗೊತ್ತಾಗೋದು ಅದ್ರಿಂದಾನೇ. ಅದಕ್ಕೆ ಅಂಚನ್ನ ಇದ್ದ ಹಾಗೇ ಕತ್ತರಿಸಿ ಕೆಳಗೆ ಜರುಗಿಸಿ, ನಡುವೆ ಬಿದ್ದ ಜಾಗಕ್ಕೆ ಅದೇ ಫ್ರಾಕಿನ ಬಟ್ಟೆ ತುಂಬ್ಬೇಕು.

ಎಷ್ಟು ಇಳಿಸ್ಬೇಕು ಅಂತ ನಿನ್ನ ಫೋಟೋ ಮೇಲೇ ಅಳೆದೆ. ಸೊಂಟದಿಂದ ಅಂಚಿನವರೆಗೆ 720 ಪಿಕ್ಸೆಲ್ ಇದೆ, ಮಂಡಿ ದಾಟಿ ನಾಲ್ಕು ಬೆರಳು ಕೆಳಗೆ ಬರ್ಬೇಕು ಅಂದ್ರೆ ಇನ್ನೊಂದು 225 ಬೇಕು. ಅದಕ್ಕಿಂತ ಜಾಸ್ತಿ ಆಸೆ ಪಡಬೇಡ, ಪಾದದವರೆಗೂ ಇಳಿಸೋಕೆ ಹೋದ್ರೆ ಇರೋ ಬಟ್ಟೆಗಿಂತ ನಾವು ಸೃಷ್ಟಿ ಮಾಡಿದ್ದೇ ಜಾಸ್ತಿ ಆಗೋಗುತ್ತೆ. ಈಗ ಅಗಲ ನೋಡು, ಇದನ್ನ ತುಂಬಾ ಜನ ಮರೀತಾರೆ. ಫ್ರಾಕು ಸೊಂಟದಲ್ಲಿ 420 ಇದೆ, ಅಂಚಲ್ಲಿ 750, ಅಂದ್ರೆ ಕೆಳಗೆ ಹೋಗ್ತಾ ಹೋಗ್ತಾ ಘೇರು ಅಗಲ ಆಗ್ತಾ ಬಂದಿದೆ, ಅದೇ ಲೆಕ್ಕದಲ್ಲಿ ಇನ್ನೂ 225 ಕೆಳಗೆ ಹೋದ್ರೆ ಅಗಲ ಸುಮಾರು 850 ಆಗ್ಬೇಕು. ಅಂಚನ್ನ 750 ಅಗಲದಲ್ಲೇ ಕೆಳಗಿಟ್ರೆ ಮಂಡಿ ಹತ್ರ ಫ್ರಾಕು ಒಳಗೆ ತಿರುಗಿದ ಹಾಗೆ ಕಾಣುತ್ತೆ, ಯಾರೋ ಕೆಳಗೆ ದಾರ ಕಟ್ಟಿದಾರೇನೋ ಅನ್ಸುತ್ತೆ.

ಈಗ ಕೆಲಸ ಶುರು ಮಾಡು. ಫೋಟೋಶಾಪ್ ಇಲ್ಲ ಅಂದ್ರೆ ಬ್ರೌಸರಲ್ಲೇ ಓಡೋ ಫೋಟೋಪಿಯಾ ಸಾಕು, ಹೆಸರುಗಳು ಹೆಚ್ಚುಕಮ್ಮಿ ಅವೇ. `Ctrl+J` ಒತ್ತಿ ಫೋಟೋದ ಕಾಪಿ ಲೇಯರ್ ಮಾಡ್ಕೊ, ಕೆಳಗಿನ ಒರಿಜಿನಲ್ ಮುಟ್ಟಲೇಬೇಡ. ಆಮೇಲೆ ಒಂದು ಖಾಲಿ ಲೇಯರ್ ತಗೊಂಡು ಸೊಂಟದಿಂದ ಬರೋ ಒಂದೊಂದು ನೆರಿಗೆ ಮೇಲೂ ಕೆಂಪು ಗೆರೆ ಎಳಿ, ಅಂಚು ದಾಟಿ ಹೊಸ ಅಂಚು ಬರೋ ಜಾಗದವರೆಗೂ ಅದೇ ದಿಕ್ಕಲ್ಲಿ ಮುಂದುವರಿಸು. ಗೆರೆಗಳು ಬೀಸಣಿಗೆ ಬಿಚ್ಚಿದ ಹಾಗೆ ಕೆಳಗೆ ಹೋಗ್ತಾ ದೂರ ಆಗ್ಬೇಕು. ಯಾವ್ದಾದ್ರೂ ಗೆರೆ ಪಕ್ಕದ್ದನ್ನ ಕ್ರಾಸ್ ಮಾಡ್ತು ಅಂದ್ರೆ ಆ ನೆರಿಗೆ ದಿಕ್ಕು ತಪ್ಪಾಗಿ ಹಿಡಿದಿದೀಯ ಅಂತ ಅರ್ಥ, ಅಲ್ಲೇ ಸರಿ ಮಾಡ್ಕೊ. ಈ ಗೆರೆ ಎಳೆಯೋ ಕೆಲಸಕ್ಕೆ ಬೇಜಾರು ಮಾಡ್ಕೋಬೇಡ, ಮುಂದೆ ಎಲ್ಲಾ ಇದ್ರ ಮೇಲೇ ನಿಲ್ಲೋದು.

ಆಮೇಲೆ ಅಂಚಿನ ಪಟ್ಟಿ ಕತ್ತರಿಸ್ಬೇಕು, ಹೊಲಿಗೆ ಸೇರಿ ಒಂದು 120 ಪಿಕ್ಸೆಲ್ ಎತ್ತರ. ಪ್ಲೇನ್ ಬಟ್ಟೆ ಆಗಿದ್ರೆ ಎತ್ತರ ಹಾಗೇ ಬಿಟ್ಟು ಅಗಲ ಮಾತ್ರ ಜಾಸ್ತಿ ಮಾಡಿ ಮುಗಿಸಬಹುದಿತ್ತು, ಆದ್ರೆ ನಿನ್ನ ಫ್ರಾಕಲ್ಲಿ ಹೂವಿದೆ, ಅಗಲ ಎಳೆದ್ರೆ ಹೂವು ಚಪ್ಪಟೆ ಆಗುತ್ತೆ. ಅದಕ್ಕೆ ನಿಜವಾದ ಬಟ್ಟೆ ಏನು ಮಾಡುತ್ತೋ ಅದನ್ನೇ ಮಾಡೋಣ, ಘೇರು ಅಗಲ ಆದಾಗ ಬಟ್ಟೆ ಹಿಗ್ಗಲ್ಲ, ನೆರಿಗೆ ಬಿಚ್ಕೊಳುತ್ತೆ ಅಲ್ವಾ? ನಿನ್ನ ಫೋಟೋದಲ್ಲಿ ಎದ್ದು ಕಾಣೋ ನಾಲ್ಕು ನೆರಿಗೆ ಇದೆ, ನಡುವೆ ಮೂರು ಕಪ್ಪು ತಗ್ಗು. ಪಟ್ಟಿನ ಆ ಮೂರು ತಗ್ಗಿನಲ್ಲೇ ಕತ್ತರಿಸಿ ನಾಲ್ಕು ತುಂಡು ಮಾಡು, ನಾಲ್ಕನ್ನೂ 225 ಕೆಳಗಿಳಿಸು, ಆಮೇಲೆ ನಡುವಿನ ಎರಡನ್ನ 17ರಷ್ಟು ಆ ಕಡೆ ಈ ಕಡೆ, ಹೊರಗಿನ ಎರಡನ್ನ 50ರಷ್ಟು ಆಚೆ ತಳ್ಳು, ಕೆಂಪು ಗೆರೆಗೆ ಹೊಂದೋ ಹಾಗೆ ಒಂಚೂರು ತಿರುಗಿಸು. ಈಗ ತುಂಡುಗಳ ನಡುವೆ ಸಣ್ಣ ಸಣ್ಣ ಖಾಲಿ ಬಿಡುತ್ತೆ, ಆದ್ರೆ ಅದೆಲ್ಲಾ ಬಿದ್ದಿರೋದು ಕಪ್ಪು ತಗ್ಗಿನಲ್ಲಿ, ಅಲ್ಲಿ ಹೂವೂ ಸರಿಯಾಗಿ ಕಾಣಲ್ಲ, ಪಕ್ಕದ ಕಪ್ಪು ಬಟ್ಟೆನ `Clone Stamp`ಲ್ಲಿ ತಗೊಂಡು ತುಂಬಿದ್ರೆ ಯಾರಿಗೂ ಗೊತ್ತಾಗಲ್ಲ.

ಇನ್ನು ಮಧ್ಯದ ದೊಡ್ಡ ಖಾಲಿ. ಅಂಚಿಗಿಂತ ಮೇಲಿನ ಭಾಗದಿಂದ ಸುಮಾರು 300 ಎತ್ತರದ ಬಟ್ಟೆ ತಗೋ, 225ಕ್ಕಿಂತ ಜಾಸ್ತಿ ಯಾಕೆ ಅಂದ್ರೆ ಮೇಲೆ ಕೆಳಗೆ ಒಂದರ ಮೇಲೊಂದು ಕೂರೋಕೆ ಜಾಗ ಬೇಕು. ಇದನ್ನೂ ತಗ್ಗಿನಲ್ಲೇ ನಾಲ್ಕು ತುಂಡು ಮಾಡಿ, ಅಂಚಿನ ಪಟ್ಟಿ ಥರಾನೇ ಕೆಂಪು ಗೆರೆಗೆ ಹೊಂದೋ ಹಾಗೆ ಆ ಕಡೆ ಈ ಕಡೆ ತಳ್ಳಿ ಕೂರಿಸು, ನಡುವಿನ ಖಾಲಿನೂ ಹಾಗೇ ತುಂಬು. ಆದ್ರೆ ಮೊದಲನೇ ನೆರಿಗೆ ಬಟ್ಟೆನ ಅದೇ ಮೊದಲನೇ ನೆರಿಗೆ ಕೆಳಗೆ ಇಟ್ರೆ ಅದೇ ಹೂವು, ಅದೇ ಎಲೆ, ಅದೇ ಸುಕ್ಕು ಒಂದರ ಕೆಳಗೊಂದು ಮತ್ತೆ ಬರುತ್ತೆ, ಕಣ್ಣು ಅಂಥದ್ದನ್ನ ಬೇಗ ಹಿಡಿಯುತ್ತೆ. ಹಂಗಾಗಿ ಅದಲು ಬದಲು ಮಾಡು, ಒಂದನೇದು ಮೂರರ ಜಾಗಕ್ಕೆ, ಮೂರನೇದು ಒಂದರ ಜಾಗಕ್ಕೆ, ಎರಡು ಮತ್ತೆ ನಾಲ್ಕನ್ನೂ ಹೀಗೇ ಅದಲು ಬದಲು ಮಾಡು. ದಯವಿಟ್ಟು ಯಾವ ತುಂಡನ್ನೂ ಕನ್ನಡಿ ಥರ ಎಡ ಬಲ ತಿರುಗಿಸ್ಬೇಡ. ನಿನ್ನ ಫೋಟೋದಲ್ಲಿ ಬೆಳಕು ಎಡಗಡೆಯಿಂದ ಬಂದಿದೆ, ಪ್ರತಿ ನೆರಿಗೆನೂ ಎಡಕ್ಕೆ ಬೆಳ್ಳಗೆ, ಬಲಕ್ಕೆ ಕಪ್ಪಗಿದೆ, ತಿರುಗಿಸಿದ್ರೆ ಆ ಒಂದು ನೆರಿಗೆಗೆ ಮಾತ್ರ ಬೆಳಕು ಬಲಗಡೆಯಿಂದ ಬಿದ್ದ ಹಾಗೆ ಆಗುತ್ತೆ, ಉಬ್ಬಿರೋದು ತಗ್ಗಾಗಿ ಕಾಣುತ್ತೆ.

ತುಂಡು ಕೂರಿಸಿ ಆದ್ಮೇಲೆ ಪ್ರತಿಯೊಂದಕ್ಕೂ ಮಾಸ್ಕ್ ಹಾಕಿ ಮೆತ್ತನೆ ಬ್ರಷ್‌ನಲ್ಲಿ ಜೋಡಣೆ ಇರೋ ಕಡೆ ತುಂಡಿನ ಅಂಚು ಕರಗಿಸು. ನೇರ ಅಡ್ಡಗೆರೆ ಥರ ಮಾತ್ರ ಕರಗಿಸಬೇಡ, ಹೂವಿನ ಸುತ್ತ ಸುತ್ತಾಡ್ಕೊಂಡು ಹೋಗು, ಅರ್ಧ ಹೂವು ಕತ್ತರಿಸಿ ಬಿಡಬಾರ್ದು. ಇಷ್ಟು ಮಾಡಿದ್ಮೇಲೂ ಜೋಡಣೆ ಒಂಚೂರು ಕಾಣುತ್ತೆ, ಗಾಬರಿ ಆಗ್ಬೇಡ, ಬಟ್ಟೆಯಿಂದ ಅದು ಹೋಗಲ್ಲ, ನೆರಳಿಂದ ಹೋಗುತ್ತೆ. ಮೇಲೆ ಹೊಸ ಲೇಯರ್ ಹಾಕಿ ಮೋಡ್ `Multiply` ಮಾಡು, ಬಟ್ಟೆಯ ಕಪ್ಪು ಭಾಗದಿಂದಲೇ ಬಣ್ಣ ತಗೋ, ದೊಡ್ಡ ಮೆತ್ತನೆ ಬ್ರಷ್ ತೀರಾ ತೆಳುವಾಗಿಟ್ಟು ಹಳೇ ಬಟ್ಟೆಯಿಂದ ಶುರು ಮಾಡಿ ಜೋಡಣೆ ದಾಟಿ ಹೊಸ ಅಂಚಿನವರೆಗೂ ಒಂದೇ ಎಳೆತದಲ್ಲಿ ತಗ್ಗಿನ ನೆರಳು ಎಳಿ, ಕೆಂಪು ಗೆರೆ ಮೇಲೇ. ಮೇಲಿಂದ ಕೆಳಗೆ ಮುರಿಯದೇ ಬಂದ ನೆರಳಿನ ಹಿಂದೆ ಕಣ್ಣು ಹೋಗುತ್ತೆ, ಜೋಡಣೆ ಕಡೆ ನೋಡಲ್ಲ. ಕೆಳಗೆ ಬಂದ ಹಾಗೆ ನೆರಳು ಅಗಲ ಆಗಿ ತಿಳಿ ಆಗ್ಬೇಕು, ಅಲ್ಲಿ ನೆರಿಗೆ ಬಿಚ್ಕೊಂಡಿರುತ್ತಲ್ಲ.

ಅಂಚಿನ ಆಕಾರ ಒಂದು ಸಲ ನೋಡ್ಕೊ. ನಿಮ್ಮ ಫೋಟೋ ಎದೆ ಎತ್ತರದಿಂದ ತೆಗೆದಿರೋದು, ಅಂದ್ರೆ ಅಂಚನ್ನ ನಾವು ಮೇಲಿಂದ ನೋಡ್ತಿದೀವಿ, ಅದಕ್ಕೇ ಅಂಚು ನಡುವಲ್ಲಿ ಕೆಳಗೆ ಬಾಗಿದೆ. ಅಂಚು ಇನ್ನೂ ಕೆಳಗೆ ಹೋದ್ರೆ ಬಾಗು ಒಂಚೂರು ಜಾಸ್ತಿ ಆಗ್ಬೇಕು, ನಡುವಿನ ಎರಡು ತುಂಡನ್ನ ಕೆಲವೇ ಪಿಕ್ಸೆಲ್ ಕೆಳಗೆ ಇಳಿಸಿದ್ರೆ ಸಾಕು. ಯಾರಾದ್ರೂ ನೆಲದ ಹತ್ರ ಕೂತು ತೆಗೆದ ಫೋಟೋ ಆಗಿದ್ರೆ ಅಂಚು ಮೇಲಕ್ಕೆ ಬಾಗಿರುತ್ತೆ, ಹಿಂದಿನ ಘೇರಿನ ಒಳಭಾಗ ಕಪ್ಪಗೆ ಕಾಣ್ತಿರುತ್ತೆ, ಅದನ್ನೂ ಜೊತೇಲೇ ಇಳಿಸ್ಬೇಕು.

ಕಾಲಿನ ಮೇಲಿನ ನೆರಳು ಬಿಟ್ರೆ ಇಷ್ಟು ಹೊತ್ತು ಮಾಡಿದ್ದೆಲ್ಲಾ ಅಂಟಿಸಿದ ಹಾಗೆ ಕಾಣುತ್ತೆ. ಹಳೇ ಅಂಚಿನ ನೆರಳು ಹೊಸ ಬಟ್ಟೆ ಕೆಳಗೆ ಮುಚ್ಚಿ ಹೋಯ್ತು, ಆದ್ರೆ ಹೊಸ ಅಂಚಿನ ಕೆಳಗೆ ಕಾಲು ಬೆಳ್ಳಗಿದೆ. ಇನ್ನೊಂದು `Multiply` ಲೇಯರ್ ಹಾಕಿ, ಕಪ್ಪು ಬಣ್ಣ ಬೇಡ, ಕಾಲಿನದ್ದೇ ನೆರಳಿರೋ ಕಡೆಯ ಚರ್ಮದ ಬಣ್ಣ ತಗೊಂಡು, ಅಂಚಿಗೆ ಅಂಟಿದ ಕಡೆ ಗಾಢವಾಗಿ, ಕೆಳಗೆ ಬರ್ತಾ ಮಾಯ ಆಗೋ ಹಾಗೆ ಹಾಕು. ಬೆಳಕು ಎಡಗಡೆಯಿಂದ ಬರ್ತಿರೋದ್ರಿಂದ ನೆರಳು ಒಂದಿಷ್ಟು ಬಲಕ್ಕೆ ವಾಲ್ಬೇಕು. ಮೇಲಿನ ಲೇಯರ್ ಎಲ್ಲಾ ಸ್ವಲ್ಪ ಹೊತ್ತು ಆಫ್ ಮಾಡಿ, ಒರಿಜಿನಲ್ ಲೇಯರಲ್ಲಿ ಹಳೇ ಅಂಚಿನ ಕೆಳಗೆ ನೆರಳು ಎಷ್ಟು ಗಾಢ ಇತ್ತು ಅಂತ ನೋಡ್ಕೊಂಡು ಅಷ್ಟೇ ಕೊಡು, ಊಹೆ ಮಾಡೋದು ಬೇಡ. ನೆಲದ ಮೇಲೆ ಬಿದ್ದಿರೋ ನೆರಳಲ್ಲಿ ಫ್ರಾಕಿನ ಆಕಾರ ಕಾಣ್ತಿದ್ರೆ ಅದನ್ನೂ ಉದ್ದ ಮಾಡ್ಬೇಕು, ಹಿಂದೆ ಗಾಜು ಕನ್ನಡಿ ಇದ್ರೆ ಅದ್ರಲ್ಲೂ. ನಿನ್ನ ಫೋಟೋದಲ್ಲಿ ಎರಡೂ ಇಲ್ಲ.

ಮುಗಿದ್ಮೇಲೆ 100% ಝೂಮ್ ಮಾಡಿ ನೋಡು. ಬ್ರಷ್ ಓಡಾಡಿದ ಕಡೆ ಬಟ್ಟೆ ತೀರಾ ನುಣುಪಾಗಿ, ಮೇಲಿನ ಬಟ್ಟೆಲಿ ಸಣ್ಣ ಕಾಳು ಕಾಳು ಇದ್ರೆ, ಹೊಸ ಭಾಗಕ್ಕೆ ಮಾತ್ರ ಸ್ವಲ್ಪ `Add Noise` ಕೊಟ್ಟು ಸಮ ಮಾಡು. ಆಮೇಲೆ ಇಡೀ ಫೋಟೋನ ಸ್ವಲ್ಪ ಹೊತ್ತಿಗೆ ಕಪ್ಪು ಬಿಳುಪು ಮಾಡಿ ನೋಡು, ಬಣ್ಣ ಹೋದಾಗ ನೆರಳಿನ ತಪ್ಪು ಎದ್ದು ಕಾಣುತ್ತೆ, ಜೋಡಣೆ ಇರೋ ಕಡೆ ಅಡ್ಡ ಪಟ್ಟಿ ಕಂಡ್ರೆ ಅಲ್ಲಿ ಇನ್ನೂ ಕೆಲಸ ಬಾಕಿ ಇದೆ.

ಈಗ ಶಾಲು. ಕೂತಿರೋ ಫೋಟೋ, ನಡೀತಿರೋ ಫೋಟೋ, ಮಂಡಿ ಮಡಚಿರೋ ಫೋಟೋದಲ್ಲಿ ಅಂಚು ಇಳಿಸೋ ಕೆಲಸಕ್ಕೆ ಕೈ ಹಾಕ್ಬೇಡ, ಅಲ್ಲಿ ಬಟ್ಟೆ ಮಂಡಿ ಮೇಲಿಂದ ಬೇರೆ ಥರಾನೇ ಬೀಳುತ್ತೆ, ಸೊಂಟದ ನೆರಿಗೆ ಮುಂದುವರಿಸಿದ್ರೆ ಹೊಂದಲ್ಲ. ಅಂಥದ್ದಕ್ಕೆ ಮಡಿಲ ಮೇಲೆ ಶಾಲು ಹಾಕೋದೇ ವಾಸಿ, ಕತ್ತು ಭುಜ ಮುಚ್ಚಬೇಕಾದ್ರೂ ಶಾಲೇ. ಆದ್ರೆ ಶಾಲು ಬರೆಯೋಕೆ ಹೋಗ್ಬೇಡ, ಇಂಟರ್ನೆಟ್ಟಲ್ಲಿ ಸಿಕ್ಕಿದ್ದನ್ನೂ ಅಂಟಿಸ್ಬೇಡ. ನೀನೇ ಒಂದು ಶಾಲು ಹೊದ್ಕೊಂಡು, ಅದೇ ಭಂಗಿಲಿ, ಕಿಟಕಿ ಅದೇ ಕಡೆ ಇರೋ ಹಾಗೆ ನೋಡ್ಕೊಂಡು, ಫೋನು ಅದೇ ಎತ್ತರದಲ್ಲಿ ಹಿಡಿಸಿ, ಪ್ಲೇನ್ ಗೋಡೆ ಮುಂದೆ ಫೋಟೋ ತೆಗೆಸ್ಕೊ. ಆಗ ನೆರಿಗೆ ಭುಜದಿಂದ ಬೀಳೋ ರೀತಿ, ಬೆಳಕು ಎಲ್ಲಾ ತಾನಾಗೇ ಸರಿ ಬರುತ್ತೆ, ಶಾಲನ್ನ ಮಾತ್ರ ಕತ್ತರಿಸಿ ತಂದು ಭುಜದ ಅಗಲಕ್ಕೆ ಹೊಂದಿಸಿದ್ರೆ ಆಯ್ತು. ಅಲ್ಲೂ ಶಾಲಿನ ಅಂಚಿನ ಕೆಳಗೆ ಬಟ್ಟೆ ಮೇಲೆ ಕತ್ತಿನ ಮೇಲೆ ನೆರಳು ಬೇಕು, ಮುಂದೆ ಬಿದ್ದಿರೋ ಕೂದಲನ್ನ ಬೇರೆ ಲೇಯರಲ್ಲಿ ಶಾಲಿನ ಮೇಲೆ ತಂದಿಡು, ಇಲ್ಲಾಂದ್ರೆ ಕೂದಲು ಶಾಲಿನೊಳಗೆ ಕತ್ತರಿಸಿ ಹೋದ ಹಾಗೆ ಕಾಣುತ್ತೆ.

ಇನ್ನೊಂದು, ಗ್ರೂಪಲ್ಲಿ ಹಾಕಿದ ಕಾಪಿ ಮೇಲೆ ಕೆಲಸ ಮಾಡ್ಬೇಡ, ಅದು ಕುಗ್ಗಿರುತ್ತೆ, ನೆರಿಗೆ ಒಳಗೆಲ್ಲ ಚೌಕ ಚೌಕ ಬಂದಿರುತ್ತೆ, ದೊಡ್ಡ ಪ್ರಿಂಟಲ್ಲಿ ಅದೇ ಎದ್ದು ಕಾಣೋದು. ನಾನು ಅಳೆದಿದ್ದೂ ಅದೇ ಕಾಪಿ ಮೇಲೆ, ಒರಿಜಿನಲ್ ಫೈಲು ದೊಡ್ಡದಿದ್ರೆ ಪಿಕ್ಸೆಲ್ ಲೆಕ್ಕ ಎಲ್ಲಾ ಅದೇ ಪ್ರಮಾಣದಲ್ಲಿ ಹೆಚ್ಚಿಸ್ಕೊ. ಅಕ್ಕನ ಫೋನಿಂದ ಫೈಲನ್ನ ಡಾಕ್ಯುಮೆಂಟ್ ಥರ ಕಳಿಸ್ಕೊ. ಮುಗಿಸಿದ್ದನ್ನ ಲೇಯರ್ ಸಮೇತ `.psd`ನಲ್ಲಿ ಇಟ್ಟು ಮೊದ್ಲು ಅವಳಿಗೆ ತೋರ್ಸು, ಉದ್ದ ಅವಳಿಗೆ ಸಾಲದು ಅಥವಾ ಜಾಸ್ತಿ ಆಯ್ತು ಅಂದ್ರೆ ಅಂಚಿನ ತುಂಡುಗಳನ್ನ ಸ್ವಲ್ಪ ಜರುಗಿಸಿ, ಜೋಡಣೆ ಮತ್ತೆ ಕಾಲಿನ ನೆರಳು ಅದಕ್ಕೆ ತಕ್ಕ ಹಾಗೆ ತಿದ್ದಿದ್ರೆ ಸಾಕು, ಮೊದಲಿಂದ ಮಾಡೋದು ಬೇಕಿಲ್ಲ.