ಒಡೆಯುವ ಕೆಲಸಕ್ಕೆ ದಿನಕ್ಕೆ ಐದು ಗಂಟೆ ಸಾಕೇ?

«ಅಪಾರ್ಟ್‌ಮೆಂಟ್ ಕಮಿಟಿಯ ನೋಟಿಸ್ ಓದಿದೆವು. ಒಡೆಯುವ, ಕೊರೆಯುವ ಕೆಲಸ ಬೆಳಗ್ಗೆ 10ರಿಂದ 1, ಮಧ್ಯಾಹ್ನ 3ರಿಂದ 5 ಮಾತ್ರ, ಭಾನುವಾರ ಯಾವ ಕೆಲಸವೂ ಇಲ್ಲ ಎಂದಿದೆ. ನಮ್ಮದು ಎರಡು ಬಾತ್‌ರೂಮ್ ಮತ್ತು ಅಡುಗೆಮನೆಯ ಕೆಲಸ. ಹೀಗಾದರೆ ತಿಂಗಳುಗಟ್ಟಲೆ ಎಳೆಯುತ್ತದೆ ಎಂದು ಕಂಟ್ರಾಕ್ಟರ್ ಹೇಳುತ್ತಿದ್ದಾರೆ. ಬಾಗಿಲು ಕಿಟಕಿ ಮುಚ್ಚಿಕೊಂಡು ರಾತ್ರಿ ಎಂಟರವರೆಗೆ ಮಾಡಿಸಬಹುದೇ? ರಾತ್ರಿ ಹತ್ತರವರೆಗೂ ಕಾನೂನಿನ ಅಡ್ಡಿ ಇಲ್ಲವಂತೆ.»

ಮೇಡಂ, ನಮಸ್ಕಾರ. ನೋಟಿಸ್ ಸಿದ್ಧಪಡಿಸಿದವರಲ್ಲಿ ನಾನೂ ಒಬ್ಬ. ಕಟ್ಟಡದ ಕೆಲಸದಲ್ಲೇ ಬಹುಕಾಲ ಕಳೆದವನು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಬಿಡುವಾದಾಗ ಕೇಳಿ.

ಮೊದಲು ಬಾಗಿಲು ಮುಚ್ಚುವ ವಿಷಯ. ಅದರಿಂದ ಪ್ರಯೋಜನವಿಲ್ಲ. ಮಾತು, ಟಿವಿ, ಮಿಕ್ಸಿ ಇವುಗಳ ಸದ್ದು ಗಾಳಿಯಲ್ಲಿ ಹೋಗುತ್ತದೆ, ಬಾಗಿಲು ಹಾಕಿದರೆ ತಗ್ಗುತ್ತದೆ. ಬ್ರೇಕರ್ ಯಂತ್ರದ ಪೆಟ್ಟು ಹಾಗಲ್ಲ. ಟೈಲ್ಸ್ ಗೋಡೆಗೆ ಅಂಟಿಕೊಂಡಿದೆ, ಗೋಡೆ ತೊಲೆಗೂ ಛಾವಣಿಗೂ ಸೇರಿಕೊಂಡಿದೆ, ಅವೆಲ್ಲ ಕಂಬಗಳಿಗೆ ಸೇರಿವೆ. ಪೆಟ್ಟಿನ ಕಂಪನ ಕಾಂಕ್ರೀಟಿನೊಳಗೇ ಹರಿದು ಇನ್ನೊಂದು ಮನೆಯ ಗೋಡೆಯಲ್ಲಿ ಸದ್ದಾಗಿ ಹೊರಬರುತ್ತದೆ. ಮೂರನೆಯ ಮಹಡಿಯಲ್ಲಿ ಒಡೆದರೆ ಆರನೆಯ ಮಹಡಿಯವರು ತಮ್ಮ ಪಕ್ಕದ ಮನೆಯಲ್ಲೇ ಕೆಲಸ ನಡೆಯುತ್ತಿದೆ ಎಂದುಕೊಂಡು ಕಾವಲುಗಾರರಿಗೆ ಫೋನ್ ಮಾಡುವುದು ಇದಕ್ಕೇ. ಕಂಪನಕ್ಕೆ ತಡೆ ಎಂದರೆ ಯಂತ್ರವನ್ನು ನಿಲ್ಲಿಸುವುದೊಂದೇ. ಆದ್ದರಿಂದಲೇ ಸಮಯವನ್ನು ಕಟ್ಟಿಹಾಕಬೇಕಾಯಿತು. ಒಂದರಿಂದ ಮೂರರ ಬಿಡುವು ಹಸುಗೂಸುಗಳಿಗೆ, ವಯಸ್ಸಾದವರಿಗೆ, ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರಿಗೆ. ಆ ಎರಡು ಗಂಟೆಯನ್ನು ಅವರಿಂದ ಕಿತ್ತುಕೊಳ್ಳಲು ನನಗಂತೂ ಮನಸ್ಸಿಲ್ಲ.

ಕಾನೂನಿನ ಮಾತು ಅರ್ಧ ನಿಜ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು ಎಂದಿದೆ. ಆದರೆ ಆ ಹಗಲಿಗೂ ವಸತಿ ಪ್ರದೇಶದಲ್ಲಿ 55 ಡೆಸಿಬಲ್ ಮಿತಿ ಇದೆ, ರಾತ್ರಿಗೆ 45. ಹತ್ತು ಗಂಟೆ ಎನ್ನುವುದು ಈ ಎರಡು ಮಿತಿಗಳನ್ನು ಬೇರ್ಪಡಿಸುವ ಗೆರೆ, ಅಲ್ಲಿಯವರೆಗೆ ಎಷ್ಟು ಸದ್ದಾದರೂ ಮಾಡಿಕೊಳ್ಳಿ ಎಂಬ ಪರವಾನಗಿ ಅಲ್ಲ.

ಈಗ ಮುಖ್ಯ ಪ್ರಶ್ನೆ, ಕೆಲಸ ಎಳೆಯುತ್ತದೆಯೇ ಎಂಬುದು. ನಿಮ್ಮ ಬಾತ್‌ರೂಮನ್ನೇ ಲೆಕ್ಕ ಹಾಕೋಣ. ಐದಡಿ ಅಗಲ, ಎಂಟಡಿ ಉದ್ದ, ಏಳಡಿ ಎತ್ತರದವರೆಗೆ ಟೈಲ್ಸ್. ಬಾಗಿಲು ಕಿಟಕಿ ಕಳೆದರೆ ಗೋಡೆ ಸುಮಾರು 160 ಚದರಡಿ, ನೆಲ 40, ಒಟ್ಟು 200. ಒಬ್ಬರು ಯಂತ್ರ ಹಿಡಿದು ಇನ್ನೊಬ್ಬರು ತುಂಬುತ್ತಾ ಹೋದರೆ ದಿನಕ್ಕೆ ಐದು ಗಂಟೆಯಂತೆ ಎರಡು ದಿನದ ಕೆಲಸ. ಎರಡೂ ಬಾತ್‌ರೂಮಿಗೆ ನಾಲ್ಕು ದಿನ. ಪೈಪಿಗಾಗಿ ಗೋಡೆ ಕೊರೆಯಲು ಒಂದೊಂದು ದಿನ, ಅಡುಗೆಮನೆಗೆ ಇನ್ನೆರಡು ದಿನ ಇಟ್ಟುಕೊಳ್ಳಿ. ಎಂಟು ದಿನಗಳಲ್ಲಿ ದೊಡ್ಡ ಸದ್ದು ಮುಗಿಯಿತು. ರಾತ್ರಿ ಎಂಟರವರೆಗೆ ಬಿಟ್ಟರೂ ನಿಮಗೆ ಉಳಿಯುವುದು ಮೂರು ನಾಲ್ಕು ದಿನ ಮಾತ್ರ.

ಹೆಚ್ಚು ದಿನ ತಿನ್ನುವುದು ಅದರ ನಂತರದ ಕೆಲಸ, ಅದಕ್ಕೆ ಸದ್ದೇ ಇಲ್ಲ. ಪ್ಲಂಬಿಂಗ್, ಪೈಪಿಗೆ ಒತ್ತಡ ಕೊಟ್ಟು ಪರೀಕ್ಷೆ, ಗಾರೆ, ಅದು ಗಟ್ಟಿಯಾಗುವವರೆಗೆ ನೀರುಣಿಸುವುದು, ವಾಟರ್‌ಪ್ರೂಫಿಂಗ್ ಲೇಪನ, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಯಂತ್ರವಿಲ್ಲದ ಇಂಥ ಕೆಲಸಕ್ಕೆ ನೋಟಿಸ್ ಪ್ರಕಾರ ಬೆಳಗ್ಗೆ 9ರಿಂದ ಸಂಜೆ 6ರವರೆಗೆ ಅವಕಾಶವಿದೆ. ಕಂಟ್ರಾಕ್ಟರ್‌ಗೆ ಅವಸರವಿದ್ದರೆ ಅವರು ಮೊದಲು ಕತ್ತರಿ ಹಾಕುವುದು ಒಣಗುವ ಸಮಯಕ್ಕೆ. ಅಲ್ಲಿ ನೀವು ಬಿಗಿಯಾಗಿ ನಿಲ್ಲಬೇಕು.

ಟೈಲ್ಸ್ ಹಾಕುವ ಮುನ್ನ ನೀರು ನಿಲ್ಲಿಸಿ ನೋಡುವ ಪರೀಕ್ಷೆಯನ್ನು ನೋಟಿಸ್‌ನಲ್ಲಿ ಕಡ್ಡಾಯ ಮಾಡಿರುವುದು ಇದೇ ಕಾರಣಕ್ಕೆ. ನೀರು ಹೋಗುವ ಬಾಯಿಗೆ ಬಿರಡೆ ಹಾಕಿ, ಬಾಗಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಎರಡು ಇಂಚು ನೀರು ತುಂಬಿಸಿ. ನೀರಿನ ಮಟ್ಟಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆಯಿರಿ. 48 ಗಂಟೆ ಬಿಡಿ. ಆವಿಯಾಗಿ ಸ್ವಲ್ಪ ಇಳಿಯುವುದು ಸಹಜ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ನೀರು ಎಲ್ಲೋ ದಾರಿ ಮಾಡಿಕೊಂಡಿರಬಹುದು. ಜೊತೆಗೆ ಕೆಳಗಿನ ಮನೆಗೆ ನೀವೇ ಹೋಗಿ ಅವರ ಬಾತ್‌ರೂಮಿನ ಸೀಲಿಂಗ್ ನೋಡಿ ಬನ್ನಿ, ಮೇಸ್ತ್ರಿಯನ್ನು ಕಳುಹಿಸಬೇಡಿ. ಪೈಪ್ ಛಾವಣಿಯನ್ನು ತೂರಿ ಇಳಿಯುವ ಜಾಗದ ಸುತ್ತ ಕೈಯಿಟ್ಟು ನೋಡಿ, ಸೋರಿಕೆ ಹೆಚ್ಚಾಗಿ ಶುರುವಾಗುವುದು ಅಲ್ಲೇ. ಈ ಎರಡು ದಿನ ಉಳಿಸಲು ಹೋದವರ ಮನೆಯಲ್ಲಿ ಹೊಸ ಟೈಲ್ಸನ್ನೇ ಮತ್ತೆ ಒಡೆಯಬೇಕಾಗಿ ಬಂದದ್ದನ್ನು ನೋಡಿದ್ದೇನೆ. ಆಗ ಇಡೀ ಕಟ್ಟಡ ಮತ್ತೊಮ್ಮೆ ಬ್ರೇಕರ್ ಸದ್ದು ಕೇಳಬೇಕು.

ನಿಜವಾಗಿ ವಾರಗಟ್ಟಲೆ ಕಾಡುವುದು ಮರಗೆಲಸದ ಸದ್ದು. ಪ್ಲೈವುಡ್ ಹಾಳೆಗಳನ್ನು ಮನೆಯೊಳಗೇ ತಂದು, ಗರಗಸದ ಯಂತ್ರದಲ್ಲಿ ಕೊಯ್ದು, ಮೊಳೆ ಹೊಡೆದು ಕಪಾಟು ಕಟ್ಟಿದರೆ ಒಂದು ಅಡುಗೆಮನೆಗೇ ಎರಡು ಮೂರು ವಾರ. ಅಳತೆ ಕೊಟ್ಟು ಕಾರ್ಖಾನೆಯಲ್ಲೇ ಕೊಯ್ಸಿ ತಂದರೆ ಇಲ್ಲಿ ಗೋಡೆಗೆ ತೂತು ಹೊಡೆದು ಜೋಡಿಸುವುದಷ್ಟೇ ಉಳಿಯುತ್ತದೆ, ಎರಡು ದಿನದ ಮಾತು. ಐದು ಗಂಟೆಯ ಮಿತಿ ನಿಮ್ಮನ್ನು ಕಟ್ಟಿಹಾಕುವುದಿದ್ದರೆ ಇಲ್ಲಿ ಮಾತ್ರ, ಹಾಗಾಗಿ ಈಗಲೇ ಯೋಚಿಸಿ. ಟೈಲ್ಸ್ ಕತ್ತರಿಸುವುದಕ್ಕೂ ಉಪಾಯವಿದೆ. ನೇರ ತುಂಡುಗಳಿಗೆ ಕೈಯಿಂದ ಗೀರಿ ಮುರಿಯುವ ಕಟರ್ ಸಾಕು, ಮೂಲೆಯ ತುಂಡುಗಳಿಗೆ ಗುರುತು ಹಾಕಿಟ್ಟುಕೊಂಡು ಬೆಳಗ್ಗೆ ಹತ್ತು ಗಂಟೆಯ ನಂತರ ಒಟ್ಟಿಗೆ ಕೊಯ್ದುಕೊಳ್ಳಲಿ.

ಗೋಡೆ ಕೊರೆಯುವಾಗ ಒಂದು ಎಚ್ಚರ. ನಮ್ಮದು ಕಂಬ, ತೊಲೆಗಳ ಮೇಲೆ ನಿಂತ ಕಟ್ಟಡ, ನಡುವಿನ ಗೋಡೆಗಳು ಬ್ಲಾಕಿನವು. ಬ್ಲಾಕ್ ಕೊರೆದರೆ ಒಂದೇ ಹದದ ಪುಡಿ ಬೀಳುತ್ತದೆ. ಉಳಿ ಪುಟಿದು ಜಲ್ಲಿಕಲ್ಲು ಕಂಡರೆ ಅದು ಕಾಂಕ್ರೀಟ್ ಇರಬಹುದು. ಅಲ್ಲಿಗೇ ಕೈ ನಿಲ್ಲಿಸಿ ನನ್ನನ್ನು ಕರೆಯಿರಿ, ಯಾವ ಹೊತ್ತಿಗಾದರೂ ಬರುತ್ತೇನೆ. ಕಂಬಕ್ಕೂ ತೊಲೆಗೂ ಪೈಪಿಗಾಗಿ ತೋಡು ಕೊರೆಯಲು ಯಾರಿಗೂ ಅನುಮತಿ ಇಲ್ಲ.

ಒಡೆದ ಮಣ್ಣುಕಲ್ಲಿನ ತೂಕವನ್ನು ಎಲ್ಲರೂ ಕಡಿಮೆ ಅಂದಾಜು ಮಾಡುತ್ತಾರೆ. ಒಂದು ಬಾತ್‌ರೂಮಿನ ಟೈಲ್ಸ್ ಮತ್ತು ಅದರ ಹಿಂದಿನ ಒಂದು ಇಂಚು ಗಾರೆ ಸೇರಿದರೆ ಹೆಚ್ಚುಕಡಿಮೆ ಒಂದು ಟನ್. ನೆಲದಡಿಯ ತಗ್ಗಿನಲ್ಲಿ ತುಂಬಿರುವುದನ್ನೂ ತೆಗೆಸಿದರೆ ಅದರ ಎರಡರಷ್ಟಕ್ಕೂ ಮೀರಬಹುದು. ನಮ್ಮ ಎಂಟು ಜನರ ಲಿಫ್ಟ್ ತಡೆಯುವುದು 544 ಕಿಲೋ, ಹೊರುವ ಆಳುಗಳನ್ನೂ ಸೇರಿಸಿ. ಚೀಲವನ್ನು ಅರ್ಧ ಮಾತ್ರ ತುಂಬಿಸಿ, ಒಂದು ಸಲಕ್ಕೆ ಹತ್ತು ಚೀಲ ದಾಟದಂತೆ, ಮಧ್ಯಾಹ್ನ 3ರಿಂದ 5ರ ನಡುವೆ ಇಳಿಸಲಿ. ಬಾಲ್ಕನಿಯಲ್ಲಿ ರಾಶಿ ಹಾಕುವುದು ಬೇಡ, ಗೋಡೆಯಿಂದ ಚಾಚಿಕೊಂಡಿರುವ ಆ ಚಪ್ಪಡಿ ಅಷ್ಟು ಭಾರಕ್ಕೆ ಕಟ್ಟಿದ್ದಲ್ಲ. ಸಿಮೆಂಟ್ ಕಲಸಿದ ಬಕೆಟ್ಟನ್ನು ಬಾತ್‌ರೂಮಿನ ಮೋರಿಯಲ್ಲಿ ತೊಳೆಯಲು ಬಿಡಲೇಬೇಡಿ. ಅದು ಕೆಳಗಿನ ಪೈಪಿನ ತಿರುವಿನಲ್ಲಿ ಕಲ್ಲಾಗಿ ಕೂರುತ್ತದೆ, ನೀರು ಉಕ್ಕುವುದು ಕೆಳಗಿನ ಮನೆಯಲ್ಲಿ.

ಕಂಟ್ರಾಕ್ಟರ್‌ನಿಂದ ದಿನವಾರು ಪಟ್ಟಿಯೊಂದನ್ನು ಬರೆಸಿಕೊಳ್ಳಿ. ಅದರಲ್ಲಿ ಬ್ರೇಕರ್ ನಡೆಯುವ ಎಂಟು ದಿನಗಳು ಬೇರೆಯಾಗಿ ಕಾಣುವಂತಿರಲಿ. ಅರ್ಜಿಯ ಜೊತೆ ಅದನ್ನೂ ಕಳುಹಿಸಿದರೆ ನಾನು ನೋಡಿ, ನಿಮ್ಮ ಮೇಲಿನ, ಕೆಳಗಿನ ಮತ್ತು ಪಕ್ಕದ ಮನೆಯವರಿಗೆ ಮುಂಚಿತವಾಗಿಯೇ ತಿಳಿಸುತ್ತೇನೆ. ಯಾರ ಮನೆಯಲ್ಲಾದರೂ ಪರೀಕ್ಷೆಯೋ ಬಾಣಂತನವೋ ಇದ್ದರೆ ಆ ಎಂಟು ದಿನಗಳನ್ನು ಹಿಂದೆ ಮುಂದೆ ಮಾಡಿಕೊಳ್ಳೋಣ.